17 ಪರ್ಸೆಂಟ್ ಎಲ್ಲಿ ಹೋಯ್ತು? ಬ್ಯಾಂಕ್ ಸಂಬಳ ಒಪ್ಪಂದದ ಒಳಲೆಕ್ಕ

ಹೋದ ವಾರ ಅಣ್ಣನ ಮಗ ಮನೆಗೆ ಬಂದಿದ್ದ. ಬ್ಯಾಂಕಿನಲ್ಲಿ ಕ್ಲರ್ಕ್ ಆಗಿ ಸೇರಿ ಹೆಚ್ಚು ದಿನ ಆಗಿಲ್ಲ. ಹಳೆಯ ಪೇ ಸ್ಕೇಲ್, ಹೊಸ ಪೇ ಸ್ಕೇಲ್ ಎರಡನ್ನೂ ಮೊಬೈಲಿನಲ್ಲಿ ತೋರಿಸಿ ಕೇಳಿದ: "ಚಿಕ್ಕಪ್ಪ, ಶುರುವಿನ ಬೇಸಿಕ್ 17,900 ಇದ್ದದ್ದು 24,050 ಆಗಿದೆ. ಅಂದ್ರೆ 34 ಪರ್ಸೆಂಟ್ ಜಾಸ್ತಿ. ಆದ್ರೆ ಪೇಪರ್‌ನಲ್ಲಿ 17 ಪರ್ಸೆಂಟ್ ಅಂತ ಬಂದಿತ್ತು. ನಮ್ಮ ಸೀನಿಯರ್‌ಗಳನ್ನು ಕೇಳಿದ್ರೆ 3 ಪರ್ಸೆಂಟ್ ಅಂತಾರೆ. ಯಾವುದು ನಿಜ?"

ಮೂರೂ ನಿಜ. ಅವನಿಗೆ ಪೆನ್ನು, ಹಾಳೆ ಹಿಡಿದು ಕೂತು ಹೇಳಿದ್ದನ್ನೇ ಇಲ್ಲಿ ಬರೆಯುತ್ತಿದ್ದೇನೆ. ಯಾಕಂದರೆ ಮೂವತ್ತು ವರ್ಷ ಕೌಂಟರ್‌ನಲ್ಲಿ ಕೂತು, ಯೂನಿಯನ್ ಸಭೆಗಳಿಗೆ ತಪ್ಪದೆ ಹೋಗುತ್ತಿದ್ದ ನನಗೇ ಈ ಲೆಕ್ಕ ಸರಿಯಾಗಿ ಅರ್ಥ ಆಗಿದ್ದು ನಿವೃತ್ತಿ ಹತ್ತಿರ ಬಂದಾಗ. ಅಷ್ಟು ಹೊತ್ತಿಗೆ ತಡ ಆಗಿತ್ತು.

ಮೊದಲು ಸಂಬಳ ಹೇಗೆ ಗೊತ್ತಾಗುತ್ತದೆ ಅನ್ನೋದು. ಬ್ಯಾಂಕ್ ನೌಕರರಿಗೆ ಕೇಂದ್ರ ಸರ್ಕಾರಿ ನೌಕರರ ಹಾಗೆ ವೇತನ ಆಯೋಗ ಇಲ್ಲ. ಒಂದು ಕಾಲದಲ್ಲಿ ಟ್ರಿಬ್ಯೂನಲ್‌ಗಳು ತೀರ್ಪು ಕೊಡುತ್ತಿದ್ದವು, ಶಾಸ್ತ್ರಿ ಅವಾರ್ಡ್, ದೇಸಾಯಿ ಅವಾರ್ಡ್ ಅಂತ ಹಳಬರು ಈಗಲೂ ಹೇಳುತ್ತಾರೆ. 1966ರ ಅಕ್ಟೋಬರ್ 19ರಂದು ಮೊದಲ ದ್ವಿಪಕ್ಷೀಯ ಒಪ್ಪಂದ ಆಯಿತು. ಅಲ್ಲಿಂದ ಈಚೆಗೆ ಮಾತುಕತೆಯೇ ದಾರಿ. ಒಂದು ಕಡೆ ಬ್ಯಾಂಕ್‌ಗಳ ಪರವಾಗಿ ಇಂಡಿಯನ್ ಬ್ಯಾಂಕ್ಸ್ ಅಸೋಸಿಯೇಷನ್, ಅಂದರೆ ಐಬಿಎ. ಇನ್ನೊಂದು ಕಡೆ ಯೂನಿಯನ್‌ಗಳು, ಈಗ ಒಂಬತ್ತು ಯೂನಿಯನ್ ಸೇರಿದ ಯುಎಫ್‌ಬಿಯು. ಯಾವ ಬ್ಯಾಂಕ್ "ನಮ್ಮ ಪರವಾಗಿ ನೀವು ಮಾತಾಡಿ" ಅಂತ ಐಬಿಎಗೆ ಬರೆದುಕೊಡುತ್ತದೋ ಆ ಬ್ಯಾಂಕಿಗೆ ಮಾತ್ರ ಒಪ್ಪಂದ ಅನ್ವಯ. ಇದಕ್ಕೆ ಮ್ಯಾಂಡೇಟ್ ಅಂತಾರೆ. ಹೊಸ ಪೀಳಿಗೆಯ ಖಾಸಗಿ ಬ್ಯಾಂಕಿನಲ್ಲಿ ಕೆಲಸ ಮಾಡುವ ನಿಮ್ಮ ಪಕ್ಕದ ಮನೆ ಹುಡುಗನಿಗೆ ಇದರಿಂದ ಒಂದು ರೂಪಾಯಿಯೂ ಬರಲ್ಲ, ಕಾರಣ ಇದೇ.

ಈಗ ಜಾರಿಯಲ್ಲಿರುವುದು 12ನೆಯ ಒಪ್ಪಂದ. ಸಹಿ ಆಗಿದ್ದು 2024ರ ಮಾರ್ಚ್ 8ರಂದು, ಲೆಕ್ಕ ಶುರು ಆಗೋದು 2022ರ ನವೆಂಬರ್ 1ರಿಂದ. ಐದು ವರ್ಷದ ಅವಧಿ.

ಸರಿ, 17 ಪರ್ಸೆಂಟ್ ಅಂದರೆ ಏನು? ಅದು ನಿಮ್ಮ ಸಂಬಳದ ಮೇಲಿನ 17 ಅಲ್ಲ. ಆ ಬ್ಯಾಂಕ್‌ಗಳು ಒಂದು ವರ್ಷದಲ್ಲಿ ಎಲ್ಲ ಸಿಬ್ಬಂದಿಗೆ ಕೊಟ್ಟ ಸಂಬಳದ ಒಟ್ಟು ಬಿಲ್ ಇದೆಯಲ್ಲ, ಪೇ ಸ್ಲಿಪ್ ಕಾಸ್ಟ್ ಅಂತಾರೆ, ಅದರ ಮೇಲೆ 17. ಹಾಗೆ ಬಂದ ದುಡ್ಡು ಒಂದು ದೊಡ್ಡ ಗಂಟು. ಆ ಗಂಟನ್ನು ಬೇಸಿಕ್‌ಗೆ ಎಷ್ಟು, ಯಾವ ಭತ್ಯೆಗೆ ಎಷ್ಟು ಅಂತ ಹಂಚುವುದು ಎರಡನೆಯ ಮಾತುಕತೆ. ಪೇಪರ್‌ನಲ್ಲಿ ಸುದ್ದಿ ಆಗುವುದು ಗಂಟಿನ ಗಾತ್ರ. ನಿಮ್ಮ ಬದುಕಿಗೆ ತಟ್ಟುವುದು ಹಂಚಿಕೆ. ನಮ್ಮ ಸಭೆಗಳಲ್ಲಿ ಚಪ್ಪಾಳೆ ಬಿದ್ದದ್ದೆಲ್ಲ ಮೊದಲನೆಯದಕ್ಕೆ, ಎರಡನೆಯದನ್ನು ಕೇಳಿದವರೇ ಕಡಿಮೆ.

ಇನ್ನು 34ರ ಕಥೆ. ಹಳೆಯ ಒಪ್ಪಂದದಲ್ಲಿ ಡಿಎ, ಅಂದರೆ ತುಟ್ಟಿಭತ್ಯೆಯ ಲೆಕ್ಕ ಕಾರ್ಮಿಕರ ಬೆಲೆ ಸೂಚ್ಯಂಕದ 6352ನೇ ಪಾಯಿಂಟ್‌ನಿಂದ ಶುರು ಆಗುತ್ತಿತ್ತು. ಅದಕ್ಕಿಂತ ಮೇಲೆ ಪ್ರತಿ 4 ಪಾಯಿಂಟ್‌ಗೆ ಒಂದು ಸ್ಲ್ಯಾಬ್, ಪ್ರತಿ ಸ್ಲ್ಯಾಬ್‌ಗೆ 0.07 ಪರ್ಸೆಂಟ್ ಡಿಎ. ಹೊಸ ಒಪ್ಪಂದದಲ್ಲಿ 8088ನೇ ಪಾಯಿಂಟ್‌ವರೆಗಿನ ಡಿಎಯನ್ನು ಬೇಸಿಕ್‌ಗೆ ಸೇರಿಸಿದರು. ನಡುವಿನ ಅಂತರ 1736 ಪಾಯಿಂಟ್, ಅಂದರೆ 434 ಸ್ಲ್ಯಾಬ್. ಗುಣಿಸಿದರೆ 30.38 ಪರ್ಸೆಂಟ್. 17,900ಕ್ಕೆ ಇದನ್ನು ಸೇರಿಸಿದರೆ 23,338 ಆಗುತ್ತದೆ. ಈ ದುಡ್ಡು ನಿಮಗೆ ಮೊದಲೇ ಬರುತ್ತಿತ್ತು, ಡಿಎ ಅನ್ನುವ ಹೆಸರಿನಲ್ಲಿ. ಈಗ ಬೇಸಿಕ್ ಅನ್ನುವ ಹೆಸರಿನಲ್ಲಿ ಬರುತ್ತಿದೆ ಅಷ್ಟೆ. ಅದರ ಮೇಲೆ ಹೊಸದಾಗಿ ಸೇರಿಸಿದ್ದು 3 ಪರ್ಸೆಂಟ್. ಇದಕ್ಕೇ ಲೋಡಿಂಗ್ ಅನ್ನೋದು. 23,338ಕ್ಕೆ 3 ಪರ್ಸೆಂಟ್ ಸೇರಿಸಿ ಸ್ವಲ್ಪ ಮೇಲಕ್ಕೆ ದುಂಡು ಮಾಡಿದರೆ 24,050.

ಸೀನಿಯರ್‌ಗಳು ಹೇಳಿದ 3 ಇದೇ. ಬೇಸಿಕ್‌ನಲ್ಲಿ ನಿಜವಾಗಿ ಹೊಸದಾಗಿ ಬಂದದ್ದು 712 ರೂಪಾಯಿ.

ಹಾಗಾದರೆ ಉಳಿದದ್ದು? ಬಹುಪಾಲು ಸ್ಪೆಷಲ್ ಅಲವೆನ್ಸ್‌ಗೆ ಹೋಯಿತು. ಹಳೆಯ ಒಪ್ಪಂದದಲ್ಲಿ ಅದು ಬೇಸಿಕ್‌ನ 16.4 ಪರ್ಸೆಂಟ್, ಹೊಸದರಲ್ಲಿ 26.5. ಅದೇ 8088ನೇ ಪಾಯಿಂಟ್‌ನಲ್ಲಿ ನಿಂತು ನೋಡೋಣ. ಹಳೆಯ ಲೆಕ್ಕದಲ್ಲಿ 17,900ಕ್ಕೆ 2,936 ರೂಪಾಯಿ, ಅದರ ಮೇಲಿನ ಡಿಎ ಸೇರಿ 3,827. ಹೊಸ ಲೆಕ್ಕದಲ್ಲಿ 24,050ಕ್ಕೆ 6,373. ಜಾಸ್ತಿ ಆಗಿದ್ದು 2,546 ರೂಪಾಯಿ. ಬೇಸಿಕ್‌ನ 712, ಇದರ 2,546, ಎರಡೂ ಸೇರಿ 3,258. ಹಳೆಯ ಲೆಕ್ಕದ 23,338 ಮತ್ತು 3,827 ಸೇರಿದರೆ 27,165, ಅದರ ಮೇಲೆ ಇದು 12 ಪರ್ಸೆಂಟ್ ಆಯಿತು. ಇದರ ಜೊತೆಗೆ ಮನೆ ಬಾಡಿಗೆ ಭತ್ಯೆಯೂ ಸ್ವಲ್ಪ ಏರುತ್ತದೆ, ಯಾಕಂದರೆ ಅದನ್ನು ಡಿಎ ಬಿಟ್ಟು ಬರೀ ಬೇಸಿಕ್ ಮೇಲೆ ಹಾಕುತ್ತಾರೆ, ಬೇಸಿಕ್ ಹಿಗ್ಗಿದರೆ ಅದೂ ಹಿಗ್ಗುತ್ತದೆ. ಒಟ್ಟಿನಲ್ಲಿ ಒಬ್ಬ ಹೊಸ ಕ್ಲರ್ಕ್‌ಗೆ ಕೈಗೆ ಬಂದ ಏರಿಕೆ ಸುಳ್ಳಲ್ಲ. ಯೂನಿಯನ್‌ನವರು ಮೋಸ ಮಾಡಿದರು ಅಂತ ವಾಟ್ಸಾಪ್‌ನಲ್ಲಿ ಓಡಾಡುವ ಮಾತನ್ನು ನಾನು ಒಪ್ಪಲ್ಲ.

ನನ್ನ ತಕರಾರು ಬೇರೆ. ಸ್ಪೆಷಲ್ ಅಲವೆನ್ಸ್‌ಗೆ ಡಿಎ ಸಿಗುತ್ತದೆ, ಬೆಲೆ ಏರಿದಂತೆ ಅದೂ ಏರುತ್ತದೆ, ಅಷ್ಟರಮಟ್ಟಿಗೆ ಒಳ್ಳೆಯದೇ. ಆದರೆ ಪಿಂಚಣಿಗೆ, ಪಿಎಫ್‌ಗೆ ಅದನ್ನು ಲೆಕ್ಕಕ್ಕೆ ತೆಗೆದುಕೊಳ್ಳುವುದಿಲ್ಲ ಅಂತ ಒಪ್ಪಂದದಲ್ಲೇ ಬರೆದಿದೆ. 3,258ರಲ್ಲಿ 2,546 ರೂಪಾಯಿ ನೀವು ಕೆಲಸದಲ್ಲಿ ಇರುವವರೆಗೆ ಮಾತ್ರ ನಿಮ್ಮದು. ನಿವೃತ್ತಿ ದಿನ ಅದು ಅಲ್ಲಿಗೇ ನಿಂತುಹೋಗುತ್ತದೆ.

ಇದು ಒಂದು ಸಲದ ಮಾತಾಗಿದ್ದರೆ ನಾನು ಇಷ್ಟು ಬರೆಯುತ್ತಿರಲಿಲ್ಲ. 10ನೇ ಒಪ್ಪಂದದಲ್ಲಿ ಲೋಡಿಂಗ್ 2 ಪರ್ಸೆಂಟ್, ಸ್ಪೆಷಲ್ ಅಲವೆನ್ಸ್ 7.75. 11ರಲ್ಲಿ ಲೋಡಿಂಗ್ 2.5, ಅಲವೆನ್ಸ್ 16.4. 12ರಲ್ಲಿ 3 ಮತ್ತು 26.5. ಬೇಸಿಕ್ ಕಡೆ ಪ್ರತಿ ಸಲ ಅರ್ಧ ಪರ್ಸೆಂಟ್ ಏರುತ್ತಿದೆ, ಅಲವೆನ್ಸ್ ಕಡೆ ಪ್ರತಿ ಸಲ ಒಂಬತ್ತೋ ಹತ್ತೋ ಪರ್ಸೆಂಟ್ ಏರುತ್ತಿದೆ.

ಆಡಳಿತದವರಿಗೆ ಇದು ಯಾಕೆ ಬೇಕು ಅನ್ನೋದೂ ಗೊತ್ತಿರಲಿ. ಬೇಸಿಕ್‌ಗೆ ಹಾಕಿದ ಪ್ರತಿ ರೂಪಾಯಿಯ ಹಿಂದೆ ಪಿಂಚಣಿ ನಿಧಿಗೂ ದುಡ್ಡು ತೆಗೆದಿಡಬೇಕು, ಆ ಹೊರೆ ಹತ್ತಾರು ವರ್ಷ ಇರುತ್ತದೆ. ಅಲವೆನ್ಸ್‌ಗೆ ಹಾಕಿದರೆ ಆ ಚಿಂತೆ ಇಲ್ಲ. ನಮ್ಮ ಕಡೆಯಲ್ಲೂ ಒಂದು ಒತ್ತಡ ಇದೆ. ಸಾಲ ಮಾಡಿ ಮನೆ ಕಟ್ಟಿದ ಮೂವತ್ತರ ಹುಡುಗನಿಗೆ ಈ ತಿಂಗಳು ಕೈಗೆ ಎಷ್ಟು ಬಂತು ಅನ್ನೋದೇ ಮುಖ್ಯ. ನಾನೂ ಆ ವಯಸ್ಸಿನಲ್ಲಿ ಹಾಗೇ ಯೋಚಿಸಿದ್ದೆ, ತಪ್ಪು ಅಂತ ಹೇಳಲ್ಲ. ಆದರೆ ನನ್ನ ಕೊನೆಯ ತಿಂಗಳ ಸ್ಲಿಪ್ ಮತ್ತು ಮೊದಲ ಪಿಂಚಣಿ ಎರಡನ್ನೂ ಪಕ್ಕಪಕ್ಕ ಇಟ್ಟು ನೋಡಿದ ದಿನ ರಾತ್ರಿ ನಿದ್ದೆ ಬರಲಿಲ್ಲ.

ಕಾರ್ಖಾನೆ ಕಡೆ ಬೇರೆ ಬೇರೆ ಥರ ನಡೆಯುತ್ತದೆ, ಅದರಲ್ಲಿ ನಮಗೆ ಕಲಿಯೋದು ಇದೆ. ಕಲ್ಲಿದ್ದಲು ಗಣಿ ಕಾರ್ಮಿಕರ 11ನೆಯ ಒಪ್ಪಂದಕ್ಕೆ 2023ರ ಮೇ ತಿಂಗಳಲ್ಲಿ ಸಹಿ ಬಿತ್ತು. ಅಲ್ಲಿ 19 ಪರ್ಸೆಂಟ್ 'ಮಿನಿಮಮ್ ಗ್ಯಾರಂಟೀಡ್ ಬೆನಿಫಿಟ್' ಅಂತ ಬರೆದಿದ್ದಾರೆ. ಅಂದರೆ ಬೇಸಿಕ್, ಡಿಎ ಮುಂತಾದ ಹೆಸರಿಸಿದ ನಾಲ್ಕು ಬಾಬ್ತುಗಳ ಮೇಲೆ ಪ್ರತಿ ಕಾರ್ಮಿಕನಿಗೂ ಕನಿಷ್ಠ ಇಷ್ಟು ಖಾತ್ರಿ. ಒಬ್ಬ ಗಣಿ ಕಾರ್ಮಿಕ ತನ್ನ ಹಳೆಯ ಸ್ಲಿಪ್ ಹಿಡಿದು ತನಗೆ ಬಂತೋ ಇಲ್ಲವೋ ಅಂತ ಐದು ನಿಮಿಷದಲ್ಲಿ ಲೆಕ್ಕ ಹಾಕಬಹುದು. ನಮ್ಮ 17ರಲ್ಲಿ ಆ ಅನುಕೂಲ ಇಲ್ಲ. ಖಾಸಗಿ ಕಾರ್ಖಾನೆಗಳಲ್ಲಿ ಸಾಮಾನ್ಯವಾಗಿ ಒಂದೊಂದು ಕಾರ್ಖಾನೆಗೆ ಒಂದೊಂದು ಒಪ್ಪಂದ, ಮೂರು ನಾಲ್ಕು ವರ್ಷಕ್ಕೆ ಇಂತಿಷ್ಟು ಸಾವಿರ ಅಂತ ರೂಪಾಯಿ ಲೆಕ್ಕದಲ್ಲೇ ಮಾತಾಡಿ ವರ್ಷಕ್ಕಿಷ್ಟು ಅಂತ ಹಂಚುತ್ತಾರೆ. ಅಲ್ಲೂ ಇದೇ ಪ್ರಶ್ನೆ ಕೇಳಬೇಕು, ಆ ಸಾವಿರಗಳಲ್ಲಿ ಬೇಸಿಕ್‌ಗೆ ಹೋದದ್ದು ಎಷ್ಟು ಅಂತ. ಮತ್ತೆ ಒಂದು ಮಾತು, ನೋವಿನ ಮಾತೇ. ಗೇಟಿನೊಳಗೆ ಅದೇ ಮೆಷಿನ್ ಪಕ್ಕ ನಿಂತ ಗುತ್ತಿಗೆ ಕಾರ್ಮಿಕನನ್ನು ಇಂಥ ಒಪ್ಪಂದಗಳು ಸಾಮಾನ್ಯವಾಗಿ ಹೊರಗೇ ಬಿಡುತ್ತವೆ. ನಮ್ಮ ಬ್ರಾಂಚ್‌ನಲ್ಲಿ ಕಸ ಗುಡಿಸುತ್ತಿದ್ದ ತಾತ್ಕಾಲಿಕ ನೌಕರಳಿಗೂ ನಮ್ಮ ಒಪ್ಪಂದದಿಂದ ಏನೂ ಸಿಗಲಿಲ್ಲ. ಅರಿಯರ್ಸ್ ಬಂದ ದಿನ ಸಿಹಿ ಹಂಚುವಾಗ ಆಕೆ ಮುಖ ನೋಡೋಕೆ ನನಗೆ ಕಷ್ಟ ಆಗಿತ್ತು.

ತಡ ಆಗುವ ವಿಷಯಕ್ಕೆ ಬರುತ್ತೇನೆ. 11ನೇ ಒಪ್ಪಂದ 2017ರ ನವೆಂಬರ್‌ನಿಂದ ಲೆಕ್ಕ, ಸಹಿ ಆಗಿದ್ದು 2020ರ ನವೆಂಬರ್ 11ರಂದು. ಮೂರು ವರ್ಷ! 2018ರಲ್ಲಿ ಐಬಿಎ ಮುಂದಿಟ್ಟ ಮೊದಲ ಆಫರ್ 2 ಪರ್ಸೆಂಟ್. ಮೇ 30 ಮತ್ತು 31ರಂದು ಎರಡು ದಿನ ಮುಷ್ಕರ ಮಾಡಿದೆವು, ಎರಡು ದಿನದ ಸಂಬಳ ಕಳೆದುಕೊಂಡೆವು. ಕೊನೆಗೆ ನಿಂತಿದ್ದು 15ರಲ್ಲಿ. ಮುಷ್ಕರ ಯಾಕೆ ಮಾಡ್ತೀರಿ ಅಂತ ಕೌಂಟರ್‌ನಲ್ಲಿ ಗ್ರಾಹಕರು ಬೈಯುತ್ತಿದ್ದರು, ಅವರ ಕಷ್ಟವೂ ನಿಜ. ಆದರೆ 2 ಮತ್ತು 15ರ ನಡುವಿನ ಅಂತರ ಸುಮ್ನೆ ಕೂತಿದ್ದರೆ ತುಂಬುತ್ತಿರಲಿಲ್ಲ.

ಹಳೆಯ ಒಪ್ಪಂದದ ಅವಧಿ ಮುಗಿದರೂ ಹೊಸದು ಆಗುವವರೆಗೆ ಹಳೆಯದೇ ನಡೆಯುತ್ತದೆ. ಕೆಲಸಗಾರನಿಗೆ ಅದು ರಕ್ಷಣೆ, ಯಾಕಂದರೆ ಸಂಬಳ ಕೆಳಗೆ ಇಳಿಯಲ್ಲ. ಆದರೆ ಆಡಳಿತಕ್ಕೆ ಅವಸರವೂ ಇರಲ್ಲ. ಅರಿಯರ್ಸ್ ಒಟ್ಟಿಗೆ ಬರುತ್ತದೆ, ಬಡ್ಡಿ ಇಲ್ಲದೆ. ಒಂದೇ ವರ್ಷದಲ್ಲಿ ಅಷ್ಟೂ ದುಡ್ಡು ಬಂದರೆ ತೆರಿಗೆಯೂ ಜಾಸ್ತಿ ಬೀಳುತ್ತದೆ. ಅದನ್ನು ಹಿಂದಿನ ವರ್ಷಗಳಿಗೆ ಹಂಚಿ ರಿಲೀಫ್ ಪಡೆಯಲು ಫಾರ್ಮ್ 10ಇ ಅಂತ ಇತ್ತು. ಅದನ್ನು ತುಂಬದೆ ದುಡ್ಡು ಕಳೆದುಕೊಂಡ ಸಹೋದ್ಯೋಗಿಗಳು ನನಗೆ ಗೊತ್ತು.

ಈ ಒಪ್ಪಂದ 2027ರ ಅಕ್ಟೋಬರ್ 31ಕ್ಕೆ ಮುಗಿಯುತ್ತದೆ. ಮುಂದಿನದಕ್ಕೆ ಬೇಡಿಕೆ ಪಟ್ಟಿ ಬರೆಯುವಾಗ ಹುಡುಗರು ಸಭೆಗೆ ಹೋಗಬೇಕು, ಎಷ್ಟು ಪರ್ಸೆಂಟ್ ಅನ್ನೋದರ ಜೊತೆಗೆ ಎದ್ದುನಿಂತು ಲೋಡಿಂಗ್ ಎಷ್ಟು ಕೇಳ್ತಿದ್ದೀರಿ ಅಂತ ಕೇಳಬೇಕು. ಸ್ಪೆಷಲ್ ಅಲವೆನ್ಸ್‌ನ ಒಂದು ಭಾಗವನ್ನಾದರೂ ಪಿಂಚಣಿ ಲೆಕ್ಕಕ್ಕೆ ತನ್ನಿ ಅನ್ನೋದು ಪಟ್ಟಿಯ ಮೊದಲ ಪುಟದಲ್ಲಿ ಇರಬೇಕು, ಅದಕ್ಕಾಗಿ ಒಟ್ಟು ಪರ್ಸೆಂಟ್‌ನಲ್ಲಿ ಒಂದೆರಡು ಬಿಟ್ಟುಕೊಡಬೇಕಾಗಿ ಬಂದರೂ ನಾನು ಒಪ್ಪುತ್ತೇನೆ.

ಅಣ್ಣನ ಮಗ ಹಾಳೆಯನ್ನು ಮಡಚಿ ಜೇಬಿಗೆ ಹಾಕಿಕೊಂಡು, "ಚಿಕ್ಕಪ್ಪ, ಆ 712 ಮತ್ತೆ 2,546 ಹೇಗೆ ಬಂತು ಅಂತ ಇನ್ನೊಂದ್ಸಲ ಬರೆದುಕೊಡಿ, ಬ್ರಾಂಚ್‌ನಲ್ಲಿ ತೋರಿಸ್ತೀನಿ" ಅಂದ. ಬರೆದುಕೊಟ್ಟೆ.