ಕೆಮ್ಮಿದಾಗ ಲೋಟಗಟ್ಟಲೆ ರಕ್ತ ಬಂದ್ರೆ ಮೊದಲ ಪ್ರಶ್ನೆ: ಯಾವ ಕಡೆ?

ಕೆಮ್ಮಿ ಕೆಮ್ಮಿ ರಕ್ತ ಕಾರ್ತಿರೋರು ಎಮರ್ಜೆನ್ಸಿಗೆ ಬಂದಾಗ ಸುತ್ತ ನಿಂತಿರೋ ಎಲ್ರ ಕಣ್ಣೂ ಆ ರಕ್ತದ ಮೇಲೇ ಇರುತ್ತೆ. ಹಿಮೋಗ್ಲೋಬಿನ್ ಎಷ್ಟು, ಬ್ಲಡ್ ಬ್ಯಾಂಕಿಗೆ ಯಾರು ಓಡ್ತಾರೆ, ಬಿಪಿ ಬಿತ್ತಾ ಅಂತ ಗಡಿಬಿಡಿ. "ಸಾರ್, ಬಿಪಿ 120 ಇದೆ, ಸ್ಟೇಬಲ್ ಇದ್ದಾರೆ" ಅಂತ ಜೂನಿಯರ್ ಡಾಕ್ಟ್ರು ಹೇಳ್ತಾರೆ, ಎಲ್ರೂ ಸ್ವಲ್ಪ ಉಸಿರು ಬಿಡ್ತಾರೆ. ಎದೆರೋಗದ ವಿಭಾಗದಲ್ಲೇ ಕೆಲಸ ಮಾಡೋ ನನಗೆ ಆ "ಸ್ಟೇಬಲ್" ಕೇಳಿದ್ರೇ ಜಾಸ್ತಿ ಭಯ ಆಗೋದು.

ಯಾಕಂದ್ರೆ ಈ ಕಾಯಿಲೆಯಲ್ಲಿ ಜನ ಸಾಯೋದು ಬಹುತೇಕ ಉಸಿರುಗಟ್ಟಿ, ಮೈಯಲ್ಲಿ ರಕ್ತ ಖಾಲಿಯಾಗಿ ಸಾಯೋದು ಅಪರೂಪ. ದೊಡ್ಡೋರ ಶ್ವಾಸನಾಳ, ಅದರ ಕವಲುಗಳು ಎಲ್ಲಾ ಸೇರಿ ಹಿಡಿಸೋದೇ ಸುಮಾರು 150 ಎಂಎಲ್. ಅಷ್ಟು ರಕ್ತ ಕಳ್ಕೊಂಡ್ರೆ ಬಿಪಿ ಅಲ್ಲಾಡೋದೂ ಇಲ್ಲ, ಆದ್ರೆ ಅಷ್ಟೇ ರಕ್ತ ಒಳಗೆ ಹೆಪ್ಪುಗಟ್ಟಿ ನಿಂತ್ರೆ ಕೆಲವೇ ನಿಮಿಷದಲ್ಲಿ ಕಥೆ ಮುಗೀತು. ಪುಸ್ತಕಗಳಲ್ಲಿ "ಮ್ಯಾಸಿವ್" ಅನ್ನೋದಕ್ಕೆ ದಿನಕ್ಕೆ 200 ಎಂಎಲ್ ಅಂತ ಒಬ್ರು, 600 ಅಂತ ಇನ್ನೊಬ್ರು ಬರೀತಾರೆ. ನನಗೆ ಆ ಲೆಕ್ಕದ ಮೇಲೆ ಅಷ್ಟು ನಂಬಿಕೆ ಇಲ್ಲ. ಅರ್ಧ ರಕ್ತ ನುಂಗಿರ್ತಾರೆ, ಇನ್ನಷ್ಟು ಬಟ್ಟೆ ಮೇಲಿರುತ್ತೆ, ಮನೆಯವರು ಬಕೆಟ್ ತುಂಬ ಅಂತಾರೆ, ಅಳೆಯೋರು ಯಾರು? ಉಸಿರಾಟಕ್ಕೆ ತೊಂದ್ರೆ ಆಗ್ತಿದೆಯಾ, ಕೆಮ್ಮಿ ಹೊರಗೆ ಹಾಕೋ ಶಕ್ತಿ ಉಳಿದಿದೆಯಾ, ಇಷ್ಟು ನೋಡಿದ್ರೆ ಸಾಕು. ಮೊದಲೇ ಹಾಳಾಗಿರೋ ಶ್ವಾಸಕೋಶ ಆದ್ರೆ 100 ಎಂಎಲ್ಲೇ ಮ್ಯಾಸಿವ್.

ರಕ್ತ ಎಲ್ಲಿಂದ ಬರುತ್ತೆ ಅನ್ನೋದನ್ನ ಸ್ವಲ್ಪ ಬಿಡಿಸಿ ಹೇಳ್ತೀನಿ. ಶ್ವಾಸಕೋಶಕ್ಕೆ ಎರಡು ಕಡೆಯಿಂದ ರಕ್ತ ಬರುತ್ತೆ. ಒಂದು ಪಲ್ಮನರಿ ಆರ್ಟರಿ, ಹೃದಯದ ಬಲಭಾಗದಿಂದ ಬರೋದು, ರಕ್ತ ಬೇಕಾದಷ್ಟು ಹರಿಯುತ್ತೆ ಆದ್ರೆ ಪ್ರೆಶರ್ ಕಮ್ಮಿ, ಸರಾಸರಿ 15 ಅಷ್ಟೆ. ಇನ್ನೊಂದು ಬ್ರಾಂಕಿಯಲ್ ಆರ್ಟರಿ, ಹೃದಯದಿಂದ ಇಡೀ ಮೈಗೆ ರಕ್ತ ಒಯ್ಯೋ ಅಯೋರ್ಟಾದಿಂದ ನೇರ ಹುಟ್ಟೋದು. ಎದೆಯ ಐದು ಆರನೇ ಬೆನ್ನುಮೂಳೆ ಎದುರಿಗೆ ಹೊರಡೋ ದಾರದಂಥ ನಾಳ, ಹೃದಯ ಪಂಪ್ ಮಾಡೋದರಲ್ಲಿ ನೂರಕ್ಕೆ ಒಂದೆರಡು ಪಾಲು ಮಾತ್ರ ಇದಕ್ಕೆ ಹೋಗೋದು, ಆದ್ರೆ ಪ್ರೆಶರ್ ಮಾತ್ರ ನಮ್ಮ ತೋಳಲ್ಲಿ ಅಳೆಯೋ ಬಿಪಿ ಇದೆಯಲ್ಲ, ಹೆಚ್ಚುಕಮ್ಮಿ ಅದೇ. ಟಿಬಿ ಬಂದು ವರ್ಷಗಟ್ಟಲೆ ಉರಿಯೂತ ಇದ್ದ ಜಾಗದಲ್ಲಿ ಈ ಸಣ್ಣ ನಾಳ ದಪ್ಪ ಆಗುತ್ತೆ, ಸೊಟ್ಟಸೊಟ್ಟಗೆ ಸುತ್ಕೊಂಡು ಬೆಳೆಯುತ್ತೆ, ಅದರ ಗೋಡೆ ತೆಳು. ಒಂದೂವರೆ ಮಿಲಿಮೀಟರ್ ಒಳಗಿರಬೇಕಾದ್ದು ಸಿಟಿಯಲ್ಲಿ ಎರಡು ದಾಟಿದ್ರೆ ನಾವು ಅನುಮಾನಪಡ್ತೀವಿ. ಹೀಗೆ ಜೋರಾಗಿ ರಕ್ತ ಬರೋರಲ್ಲಿ ನೂರಕ್ಕೆ ತೊಂಬತ್ತರಷ್ಟು ಜನಕ್ಕೆ ಮೂಲ ಈ ಕಡೆಯದ್ದೇ. ಪೂರ್ತಿ ಬಿಪಿಯ ಜೋರಲ್ಲಿ ನುಗ್ಗೋ ರಕ್ತ ತಾನಾಗೇ ನಿಲ್ಲುತ್ತೆ ಅಂತ ಕಾಯ್ತಾ ಕೂರೋಕಾಗಲ್ಲ.

ಈಗ ಒಬ್ರನ್ನ ಕಲ್ಪಿಸ್ಕೊಳ್ಳಿ. ನಲವತ್ತೈದರ ಆಸುಪಾಸಿನ ಗಂಡಸು, ಹತ್ತು ವರ್ಷದ ಹಿಂದೆ ಟಿಬಿ ಆಗಿ ಪೂರ್ತಿ ಮಾತ್ರೆ ತಗೊಂಡು ವಾಸಿ ಆಗಿದ್ದಾರೆ. ಕೆಲವು ತಿಂಗಳಿಂದ ಕಫದಲ್ಲಿ ಆಗಾಗ ರಕ್ತದ ಗೆರೆ ಕಾಣ್ತಿತ್ತು, ನಿಲ್ತಿತ್ತು. ಇವತ್ತು ಒಮ್ಮೆಲೇ ಲೋಟದಷ್ಟು ಬಂತು, ಕೆಂಪಗೆ, ನೊರೆನೊರೆಯಾಗಿ. (ಹೊಟ್ಟೆಯಿಂದ ಬಂದಿದ್ರೆ ಸಾಮಾನ್ಯವಾಗಿ ಕಪ್ಪಗೆ, ಊಟದ ಜೊತೆ ಬೆರೆತು, ವಾಂತಿಯಾಗಿ ಬರುತ್ತೆ.) ಆಕ್ಸಿಜನ್ 88 ತೋರಿಸ್ತಿದೆ. ಬಿಪಿ ಚೆನ್ನಾಗೇ ಇದೆ.

ಇಲ್ಲಿ ನಾನು ಕೇಳೋ ಮೊದಲ ಪ್ರಶ್ನೆ, ಯಾವ ಕಡೆ? ಹಳೇ ಎಕ್ಸ್‌ರೇ ಇದ್ರೆ ಅದೇ ಚಿನ್ನ. ಇಲ್ಲಾಂದ್ರೆ ಪೇಷೆಂಟನ್ನೇ ಕೇಳಿ, ಎಷ್ಟೋ ಸಲ ಅವರೇ ಹೇಳ್ತಾರೆ, "ಬಲಗಡೆ ಒಳಗೆ ಏನೋ ಬಿಸಿಬಿಸಿ ಆಗುತ್ತೆ ಡಾಕ್ಟ್ರೇ, ಗುಳುಗುಳು ಅನ್ನುತ್ತೆ, ಆಮೇಲೆ ಕೆಮ್ಮು ಬರುತ್ತೆ" ಅಂತ. ಇವರ ಎಕ್ಸ್‌ರೇಯಲ್ಲಿ ಬಲಗಡೆ ಮೇಲಿನ ಭಾಗ ಮುದುರಿ ಮೇಲಕ್ಕೆ ಎಳ್ಕೊಂಡಿದೆ, ಅದರೊಳಗೆ ಒಂದು ಗುಹೆ, ಗುಹೆಯೊಳಗೆ ದುಂಡಗಿನ ಗಡ್ಡೆ, ಗಡ್ಡೆಯ ಮೇಲ್ಗಡೆ ಗಾಳಿಯ ಅರ್ಧಚಂದ್ರ. ಟಿಬಿ ಬಿಟ್ಟುಹೋದ ಗುಹೆಯಲ್ಲಿ ಆಸ್ಪರ್‌ಜಿಲಸ್ ಅನ್ನೋ ಬೂಷ್ಟು ಗೂಡು ಕಟ್ಟಿದೆ.

ಬಲಗಡೆ ಅಂತ ಗೊತ್ತಾಯ್ತಲ್ಲ, ಬಲ ಮಗ್ಗುಲಿಗೆ ಮಲಗಿಸಿ. ಅಂದ್ರೆ ರಕ್ತ ಬರ್ತಿರೋ ಕಡೆ ಕೆಳಗೆ. ರಕ್ತ ಅಲ್ಲೇ ನಿಂತ್ರೆ ಎಡ ಶ್ವಾಸಕೋಶ ಉಳಿಯುತ್ತೆ, ಉಸಿರಾಡೋಕೆ ಅದೊಂದೇ ಸಾಕು. ನಾನು ನೋಡೋದ್ರಲ್ಲಿ ತುಂಬಾ ಕಡೆ ಅಂಗಾತ ಮಲಗಿಸಿ ಡ್ರಿಪ್ ಹಾಕೋದ್ರಲ್ಲೇ ಮುಳುಗಿರ್ತಾರೆ, ರಕ್ತ ಆರಾಮಾಗಿ ಒಳ್ಳೇ ಕಡೆಗೂ ಇಳೀತಿರುತ್ತೆ. ಎಚ್ಚರ ಇದ್ದು ಚೆನ್ನಾಗಿ ಕೆಮ್ಮೋಕಾಗ್ತಿದ್ದು, ಮಲಗಿದ್ರೆ ಉಸಿರೇ ಬರಲ್ಲ ಅನ್ನೋರನ್ನ ಬಲವಂತ ಮಾಡ್ಬೇಡಿ, ಕೂತೇ ಕೆಮ್ಮಲಿ. ಇನ್ನೊಂದು, ಗಾಬರಿ ಆಗಿದ್ದಾರೆ ಅಂತ ನಿದ್ದೆ ಇಂಜೆಕ್ಷನ್ ಕೊಡೋದು, ಕೆಮ್ಮು ನಿಲ್ಲಿಸೋಕೆ ಕೋಡೀನ್ ಸುರಿಯೋದು. ಆ ಹೊತ್ತಲ್ಲಿ ಅವರನ್ನ ಬದುಕಿಸಿರೋದೇ ಆ ಕೆಮ್ಮು, ಅದನ್ನೇ ಆರಿಸಿಬಿಟ್ರೆ ಹೇಗೆ? ಇದರ ನಡುವೆ ಆಕ್ಸಿಜನ್, ಎರಡು ದಪ್ಪ ಕ್ಯಾನುಲಾ, ಕ್ರಾಸ್‌ಮ್ಯಾಚ್, ಬೇಕಾದ್ರೆ ಟ್ರಾನೆಕ್ಸಾಮಿಕ್ ಆಸಿಡ್ ಒಂದು ಗ್ರಾಂ. ಟ್ರಾನೆಕ್ಸಾ ಸ್ವಲ್ಪ ಟೈಮ್ ಕೊಡಬಹುದು, ಅದು ಹೋಗ್ತಿದೆ ಅಂತ ಕೈಕಟ್ಕೊಂಡು ನೋಡೋ ಮದ್ದಲ್ಲ. ಆಕ್ಟಿವ್ ಟಿಬಿ ಇರಬಹುದು ಅನ್ನೋ ಲೆಕ್ಕದಲ್ಲೇ ಎಲ್ರೂ N95 ಹಾಕ್ಕೊಳ್ಳಿ.

ನಮ್ಮ ಪೇಷೆಂಟ್‌ಗೆ ಈಗ ಕೆಮ್ಮು ಸೋಲ್ತಿದೆ. ಗಂಟಲಲ್ಲಿ ಗೊರಗೊರ, ಮಾತು ಅರ್ಧಕ್ಕೇ ನಿಲ್ತಿದೆ, ಆಕ್ಸಿಜನ್ 80ಕ್ಕೆ ಇಳೀತು. ಇನ್ನು ಶ್ವಾಸನಾಳಕ್ಕೆ ಟ್ಯೂಬ್ ಹಾಕ್ಲೇಬೇಕು, ಆ ಕೋಣೆಯಲ್ಲಿ ಯಾರ ಕೈ ಪಳಗಿದೆಯೋ ಅವರೇ ಹಾಕ್ಬೇಕು, ಕಲಿಯೋ ಟೈಮಲ್ಲ ಇದು. ಎರಡು ಸಕ್ಷನ್ ಓಡ್ತಿರಲಿ, ಒಂದು ಹೆಪ್ಪುಗಟ್ಟಿ ಕಟ್ಕೊಂಡೇ ಕಟ್ಕೊಳ್ಳುತ್ತೆ. ಟ್ಯೂಬ್ 8 ಅಥವಾ 8.5 ಸೈಜ್. ಸುಲಭ ಆಗುತ್ತೆ ಅಂತ 7 ಹಾಕಿದ್ರೆ ಆಮೇಲೆ ಶ್ವಾಸನಾಳದ ಒಳಗೆ ನೋಡೋ, ದಪ್ಪ ಸಕ್ಷನ್ ಇರೋ ಬ್ರಾಂಕೋಸ್ಕೋಪ್ ಅದರೊಳಗೆ ಇಳಿಯಲ್ಲ, ಹೆಪ್ಪು ತೆಗೆಯೋಕೂ ಆಗಲ್ಲ.

ಟ್ಯೂಬ್ ಶ್ವಾಸನಾಳದಲ್ಲಿ ಕೂತಮೇಲೆ ಮತ್ತೆ ಅದೇ ಪ್ರಶ್ನೆ. ರಕ್ತ ಬಲಗಡೆಯಿಂದ ನುಗ್ತಾನೇ ಇದ್ರೆ ಟ್ಯೂಬನ್ನ ಎಡ ಮುಖ್ಯ ಶ್ವಾಸನಾಳಕ್ಕೆ ತಳ್ಳಿ ಬಲೂನ್ ಊದಿ ಎಡಗಡೆಗೆ ರಕ್ತ ಇಳಿಯದ ಹಾಗೆ ಕಾಪಾಡ್ಬೇಕು. ಇಲ್ಲೇ ಕಷ್ಟ, ಎಡಗಡೆ ನಾಳ ಜಾಸ್ತಿ ಓರೆಯಾಗಿ ತಿರುಗುತ್ತೆ, ಕುರುಡಾಗಿ ತಳ್ಳಿದ್ರೆ ಟ್ಯೂಬ್ ಹೋಗೋದು ಬಲಕ್ಕೇ, ಅಂದ್ರೆ ರಕ್ತದ ಕಡೆಗೇ. ಬ್ರಾಂಕೋಸ್ಕೋಪ್ ಮೇಲೆ ಟ್ಯೂಬ್ ಪೋಣಿಸಿ, ಎಡಕ್ಕೆ ಹೋಗಿ, ಅದರ ಮೇಲೆ ಜಾರಿಸೋದು ಸರಿಯಾದ ದಾರಿ. ಸ್ಕೋಪ್ ಇಲ್ವಾ, ಟ್ಯೂಬನ್ನ ಎಡಕ್ಕೆ ತೊಂಬತ್ತು ಡಿಗ್ರಿ ತಿರುಗಿಸಿ ಮೆಲ್ಲಗೆ ತಳ್ಳಿ ನೋಡ್ಬಹುದು, ಆಗಬಹುದು, ಆಗದೇನೂ ಇರಬಹುದು. ರಕ್ತ ಎಡಗಡೆಯದ್ದಾಗಿದ್ರೆ ಕೆಲಸ ಹಗುರ, ಸುಮ್ನೆ ಮುಂದೆ ತಳ್ಳಿದ್ರೆ ಬಲಕ್ಕೆ ಹೋಗುತ್ತೆ. ಬಲಗಡೆ ಮೇಲಿನ ಭಾಗದ ಕವಲು ಬೇಗ ಹೊರಡೋದ್ರಿಂದ ಅದೊಂದು ಮುಚ್ಚಿಹೋಗಬಹುದು, ಪ್ರಾಣ ಉಳಿಸೋ ಹೊತ್ತಲ್ಲಿ ಅದನ್ನ ಒಪ್ಕೋಬಹುದು. ಎರಡು ಶ್ವಾಸಕೋಶಕ್ಕೂ ಬೇರೆ ಬೇರೆ ದಾರಿ ಇರೋ ಡಬಲ್ ಲ್ಯೂಮೆನ್ ಟ್ಯೂಬ್ ಕೇಳೋಕೆ ಚೆಂದ, ಆದ್ರೆ ಅದರ ಒಂದೊಂದು ದಾರಿಯೂ ಸಣ್ಣದು, ಹೆಪ್ಪು ಸಿಕ್ಕೊಳ್ಳುತ್ತೆ, ರಕ್ತದ ಮಧ್ಯೆ ಅದನ್ನ ಸರಿಯಾಗಿ ಕೂರಿಸೋರು ಎಷ್ಟು ಜನ ಇದ್ದಾರೆ?

ಸರಿಯಾಗಿ ಕೂತಿದೆ ಅಂತ ಹೇಗೆ ಗೊತ್ತಾಗೋದು? ಸ್ಟೆತಸ್ಕೋಪ್ ಒಂದನ್ನೇ ನಂಬ್ಬೇಡಿ, ರಕ್ತದ ಗೊರಗೊರದಲ್ಲಿ ಎರಡೂ ಕಡೆ ಒಂದೇ ಥರ ಕೇಳುತ್ತೆ. ಮಾನಿಟರಲ್ಲಿ ಉಸಿರಿನ ಕಾರ್ಬನ್ ಡೈ ಆಕ್ಸೈಡ್ ಗೆರೆ ಬರ್ತಿದೆಯಾ, ಎಡ ಎದೆ ಏಳ್ತಿದೆಯಾ, ಆಕ್ಸಿಜನ್ ಏರ್ತಿದೆಯಾ ನೋಡಿ, ಆಮೇಲೆ ಸ್ಕೋಪ್ ಇಲ್ಲಾ ಎಕ್ಸ್‌ರೇಯಲ್ಲಿ ಖಚಿತ ಮಾಡ್ಕೊಳ್ಳಿ. ಒಮ್ಮೆಲೇ ಗಾಳಿ ತಳ್ಳೋಕೆ ಗಟ್ಟಿಯಾದ್ರೆ ಟ್ಯೂಬಲ್ಲೇ ಹೆಪ್ಪು ಕಟ್ಟಿದೆ ಅಂತ ಮೊದಲು ಅನುಮಾನಪಡಿ.

ಇಷ್ಟಾದಮೇಲೆ ಸಿಟಿ ಆಂಜಿಯೋ. ಅದಕ್ಕೆ ಮೊದಲು ಬೇಡ, ಉಸಿರುನಾಳ ಭದ್ರ ಇಲ್ಲದೆ ಸಿಟಿ ಟೇಬಲ್ ಮೇಲೆ ಅಂಗಾತ ಮಲಗಿಸೋದು ಅಪಾಯಕ್ಕೆ ಕೈಹಾಕಿದ ಹಾಗೆ. ಸಿಟಿಯಲ್ಲಿ ಯಾವ ನಾಳ ಊದಿದೆ ಅಂತ ಕಂಡ್ರೆ ಇಂಟರ್ವೆನ್ಷನಲ್ ರೇಡಿಯಾಲಜಿಯವರು ತೊಡೆಯ ರಕ್ತನಾಳದಿಂದ ಕ್ಯಾಥೆಟರ್ ಒಯ್ದು ಸಣ್ಣ ಕಣಗಳನ್ನ ಬಿಟ್ಟು ಅದನ್ನ ಮುಚ್ತಾರೆ, ಇದೇ ಬ್ರಾಂಕಿಯಲ್ ಆರ್ಟರಿ ಎಂಬೊಲೈಸೇಶನ್. ಫ್ರಾನ್ಸಿನ ರೆಮಿ ಅನ್ನೋರು 1970ರ ದಶಕದಲ್ಲಿ ಶುರು ಮಾಡಿದ್ದು. ಬೆನ್ನುಹುರಿಗೆ ಹೋಗೋ ನಾಳ ಕೆಲವರಲ್ಲಿ ಇದೇ ನಾಳದ ಕವಲಾಗಿರುತ್ತೆ, ನೋಡ್ದೆ ಕಣ ಬಿಟ್ರೆ ಕಾಲು ಬಿದ್ದುಹೋಗಬಹುದು, ಅದಕ್ಕೇ ಅವರು ಕಣ ಬಿಡೋ ಮುಂಚೆ ಅಷ್ಟು ಹೊತ್ತು ಚಿತ್ರ ನೋಡ್ತಾ ಇರೋದು, ಮನೆಯವರು ಹೊರಗೆ "ಯಾಕಿಷ್ಟು ಲೇಟು" ಅಂತ ಬೈಯ್ಯೋದ್ರಲ್ಲಿ ಅರ್ಥ ಇಲ್ಲ.

ಹೆಚ್ಚಿನವರಲ್ಲಿ ರಕ್ತ ನಿಲ್ಲುತ್ತೆ. ನಿಲ್ಲದೇ ಇದ್ರೆ ಎರಡು ಅನುಮಾನ. ಒಂದು, ಪಕ್ಕೆಲುಬಿನ ನಡುವಿನ ನಾಳ, ತೋಳಿಗೆ ಹೋಗೋ ನಾಳದ ಕವಲು, ಇವೂ ಶ್ವಾಸಕೋಶದ ಸುತ್ತಲಿನ ಪೊರೆ ಪ್ಲೂರಾಗೆ ಅಂಟ್ಕೊಂಡು ಆ ಗುಹೆಗೆ ರಕ್ತ ಕೊಡ್ತಿರಬಹುದು, ಮೇಲ್ಭಾಗದ ಹಳೇ ಟಿಬಿಯಲ್ಲಿ ಇದು ಸಾಮಾನ್ಯ. ಎರಡನೇದು ರಾಸ್ಮುಸೆನ್ ಅನ್ಯೂರಿಸಂ, ಟಿಬಿ ಗುಹೆಯ ಗೋಡೆ ಪಲ್ಮನರಿ ಆರ್ಟರಿಯನ್ನ ತಿಂದು ಅದು ಗುಳ್ಳೆಯಾಗಿ ಒಡೆಯೋದು. ಬ್ರಾಂಕಿಯಲ್ ಕಡೆ ಎಷ್ಟು ಮುಚ್ಚಿದ್ರೂ ಇದು ನಿಲ್ಲಲ್ಲ, ಪಲ್ಮನರಿ ಕಡೆಯಿಂದ ಹೋಗಿ ಅದನ್ನ ಮುಚ್ಚೋ ಲೋಹದ ಸುರುಳಿ, ಅಂದ್ರೆ ಕಾಯಿಲ್ ಹಾಕ್ಬೇಕು. ಸಿಟಿಯನ್ನ ಎರಡೂ ರಕ್ತದಾರಿ ಕಾಣೋ ಹಾಗೆ ತೆಗೆಸಿದ್ರೆ ಮೊದಲೇ ಗೊತ್ತಾಗುತ್ತೆ.

ಕೊನೇದಾಗಿ ನನಗೆ ನಿಜವಾಗ್ಲೂ ಸಿಟ್ಟು ಬರೋ ವಿಷಯ. ಟಿಬಿ ಹೆಚ್ಚಿರೋ ಕಡೆ ರಕ್ತ ಕಂಡ ತಕ್ಷಣ "ಟಿಬಿ ತಿರುಗಿ ಬಂದಿದೆ" ಅಂತ ಮತ್ತೆ ಆರು ತಿಂಗಳ ಮಾತ್ರೆ ಶುರು. ಟಿಬಿ ವಾಸಿಯಾದ ಮೇಲೂ ಶ್ವಾಸನಾಳದ ಕವಲುಗಳು ಹಿಗ್ಗಿ ಹಾಳಾಗಿರೋ ಬ್ರಾಂಕಿಯೆಕ್ಟಾಸಿಸ್ ಉಳಿಯುತ್ತೆ, ಗುಹೆ ಉಳಿಯುತ್ತೆ, ಬೂಷ್ಟು ಬರುತ್ತೆ, ಹಳೇ ಗಾಯದ ಪಕ್ಕ ಕ್ಯಾನ್ಸರ್ ಕೂಡ ಇರಬಹುದು, ಒಂದು ರೋಗಾಣುವೂ ಬದುಕಿಲ್ಲದೆ ರಕ್ತ ಬರಬಹುದು. ಕಫದಲ್ಲಿ ಟಿಬಿ ಡಿಎನ್‌ಎ ಹುಡುಕೋ ಸಿಬಿನಾಟ್ ಟೆಸ್ಟ್ ಪಾಸಿಟಿವ್ ಬಂತಲ್ಲ ಅಂತೀರಾ, ಮೊದಲು ಚಿಕಿತ್ಸೆ ಆದವರಲ್ಲಿ ಅದು ಸತ್ತ ರೋಗಾಣುವಿನ ಡಿಎನ್‌ಎಯನ್ನೂ ಹಿಡಿಯಬಹುದು, ಕಲ್ಚರ್ ಕಳಿಸಿ. ಟಿಬಿ ನಿಜಕ್ಕೂ ಇದ್ರೆ ಮಾತ್ರೆ ಕೊಡಲೇಬೇಕು, ಅದರಲ್ಲಿ ಎರಡು ಮಾತಿಲ್ಲ. ಆದ್ರೆ ನಮ್ಮ ಈ ಪೇಷೆಂಟ್‌ಗೆ ಆ ಮಾತ್ರೆಯಿಂದ ಆಗೋದೇನೂ ಇಲ್ಲ. ಗುಹೆ, ಗಡ್ಡೆ ಎರಡೂ ಒಳಗೇ ಇರೋದ್ರಿಂದ ಎಂಬೊಲೈಸೇಶನ್ ಆದ್ಮೇಲೂ ತಿಂಗಳಲ್ಲೋ ವರ್ಷದಲ್ಲೋ ರಕ್ತ ಮರಳಿ ಬರೋ ಸಾಧ್ಯತೆ ಜಾಸ್ತಿ. ಹಾಗಾಗಿ ರಕ್ತ ನಿಂತು ಚೇತರಿಸ್ಕೊಂಡ ಮೇಲೆ ಉಸಿರಿನ ಶಕ್ತಿ ಅಳೆದು, ತಾಳೋ ಹಾಗಿದ್ರೆ ಆ ಭಾಗವನ್ನ ಆಪರೇಷನ್ ಮಾಡಿ ತೆಗೆಸೋದು. ಉಳಿದ ಶ್ವಾಸಕೋಶ ಅದನ್ನ ತಡ್ಕೊಳ್ಳಲ್ಲ ಅಂದ್ರೆ ಇಟ್ರಾಕೊನಜೋಲ್ ಥರದ ಫಂಗಸ್ ಮಾತ್ರೆ ತಿಂಗಳುಗಟ್ಟಲೆ, ಮತ್ತೆ ರಕ್ತ ಕಂಡ್ರೆ ಅದು ಗೆರೆಯಷ್ಟೇ ಇದ್ರೂ ಅವತ್ತೇ ಬನ್ನಿ ಅಂತ ಹೇಳಿ ಕಳಿಸೋದು, ಜೊತೆಗೆ ಡಿಸ್ಚಾರ್ಜ್ ಚೀಟಿ ಮೇಲೆ ದಪ್ಪ ಅಕ್ಷರದಲ್ಲಿ "ಬಲಗಡೆ" ಅಂತ ಬರೆದುಕೊಡೋದು.