ಇಪ್ಪತ್ತು ವರ್ಷದ ಪಾಲಿಸಿ, 5.78 ಶೇಕಡ, ಮತ್ತು ಲೆಕ್ಕದ ಮೇಷ್ಟ್ರಾದ ನಾನು

ಪ್ರೌಢಶಾಲೆಯಲ್ಲಿ ಇಪ್ಪತ್ತೈದು ವರ್ಷದಿಂದ ಗಣಿತ ಕಲಿಸುತ್ತಿದ್ದೇನೆ. ಚಕ್ರಬಡ್ಡಿಯ ಸೂತ್ರವನ್ನು ಎಷ್ಟು ಮಕ್ಕಳಿಗೆ ಬಾಯಿಪಾಠ ಮಾಡಿಸಿದ್ದೇನೋ ಲೆಕ್ಕವಿಲ್ಲ. ಆ ಸೂತ್ರವನ್ನು ನನ್ನ ಸ್ವಂತ ದುಡ್ಡಿಗೆ ಒಮ್ಮೆಯೂ ಹಚ್ಚಿ ನೋಡಲಿಲ್ಲವಲ್ಲ ಎಂಬ ಸಿಟ್ಟಿನಲ್ಲಿ ಇದನ್ನು ಬರೆಯುತ್ತಿದ್ದೇನೆ. ಅರ್ಧ ಸಿಟ್ಟು ನನ್ನ ಮೇಲೆ. ಉಳಿದರ್ಧ ಯಾರ ಮೇಲೆ ಎಂಬುದು ಓದುತ್ತಾ ಗೊತ್ತಾಗುತ್ತದೆ.

2004ರ ಮಾರ್ಚ್ ತಿಂಗಳು. ತೆರಿಗೆ ಉಳಿಸುವ ಗಡಿಬಿಡಿ. ನನ್ನ ಷಡ್ಡಕರು ಆಗಷ್ಟೇ ವಿಮೆ ಏಜೆಂಟರಾಗಿದ್ದರು. ಹೆಂಡತಿಯ ಅಕ್ಕನ ಗಂಡ, ವಯಸ್ಸಿನಲ್ಲಿ ಹಿರಿಯರು, ಭಾವ ಎಂದು ಕರೆಯುವ ಸಂಬಂಧ. ಬೇಡ ಎನ್ನುವುದು ಹೇಗೆ? ಐದು ಲಕ್ಷದ ಎಂಡೋಮೆಂಟ್ ಪಾಲಿಸಿ, ಅಂದರೆ ನಡುವೆ ಸತ್ತರೆ ಮನೆಯವರಿಗೆ, ಬದುಕಿದ್ದರೆ ಅವಧಿಯ ಕೊನೆಗೆ ನನಗೇ ಹಣ. ಅವಧಿ 20 ವರ್ಷ, ವರ್ಷಕ್ಕೆ 25,000 ರೂಪಾಯಿ ಪ್ರೀಮಿಯಂ. ಆಗಿನ ಸಂಬಳದಲ್ಲಿ ಅದು ಎರಡು ತಿಂಗಳ ಊಟ ತಿಂಡಿ ಬಾಡಿಗೆಯನ್ನು ಮೀರಿದ ಮೊತ್ತ. ಒಂದು ವರ್ಷವೂ ತಪ್ಪಿಸದೆ ಕಟ್ಟಿದೆ. ಎರಡು ಸಲ ಸೊಸೈಟಿಯಲ್ಲಿ ಸಾಲ ಮಾಡಿ ಕಟ್ಟಿದ್ದೂ ಉಂಟು.

2024ರ ಮಾರ್ಚ್‌ನಲ್ಲಿ ಹಣ ಬಂತು. ವಿಮಾ ಮೊತ್ತ 5,00,000, ಬೋನಸ್ 4,20,000, ಕೊನೆಯ ಹೆಚ್ಚುವರಿ ಬೋನಸ್ 30,000. ಒಟ್ಟು 9,50,000 ರೂಪಾಯಿ. ಭಾವ ಮೈಸೂರು ಪಾಕಿನ ಡಬ್ಬಿ ಹಿಡಿದು ಬಂದರು. "ನೋಡಿ ಮೇಷ್ಟ್ರೇ, ಐದು ಕಟ್ಟಿದಿರಿ, ಒಂಬತ್ತೂವರೆ ಬಂತು. ಹೆಚ್ಚು ಕಡಿಮೆ ದುಪ್ಪಟ್ಟು" ಎಂದರು. ನಾನೂ ಹಲ್ಲು ಕಿರಿದೆ. ಆಮೇಲೆ ಅವರು ಕಾಗದ ತೆಗೆದು ಇನ್ನೊಂದು ಲೆಕ್ಕ ತೋರಿಸಿದರು: ಸಾವಿರಕ್ಕೆ 42 ರೂಪಾಯಿ ಬೋನಸ್, ಅಂದರೆ ಐದು ಲಕ್ಷಕ್ಕೆ ವರ್ಷಕ್ಕೆ 21,000. "ನೀವು ವರ್ಷಕ್ಕೆ ಕಟ್ಟಿದ್ದು 25,000. ಅದರಲ್ಲಿ 21,000 ಬೋನಸ್ಸಾಗಿಯೇ ವಾಪಸ್ಸು ಬಂತಲ್ಲ!"

ಆ ಮಾತು ಕೇಳಿದಾಗಲೇ ನನಗೆ ಎಲ್ಲೋ ಚುಚ್ಚಿದ್ದು. ಒಂಬತ್ತನೆಯ ತರಗತಿಯ ಹುಡುಗ ಇಂಥ ಲೆಕ್ಕ ಬರೆದು ತಂದಿದ್ದರೆ ಕೆಂಪು ಶಾಯಿಯಲ್ಲಿ ಗೀಟು ಎಳೆಯುತ್ತಿದ್ದೆ.

ಬೋನಸ್ ಎಂಬ ಪದವೇ ಮೂಗಿಗೆ ತುಪ್ಪ ಸವರುವಂಥದ್ದು. ಮೊದಲನೆಯ ವರ್ಷ ಘೋಷಿಸಿದ 21,000 ರೂಪಾಯಿಯನ್ನು ಆ ವರ್ಷವೇ ನನ್ನ ಕೈಗೆ ಕೊಡಲಿಲ್ಲ. ನನ್ನ ಹೆಸರಿನಲ್ಲಿ ಬರೆದಿಟ್ಟರು, ಅಷ್ಟೆ. ಕೊಟ್ಟದ್ದು ಇಪ್ಪತ್ತನೆಯ ವರ್ಷದ ಕೊನೆಗೆ. ಅಷ್ಟು ವರ್ಷ ಕಳೆದ ಮೇಲೂ ಅದು 21,000 ರೂಪಾಯಿಯೇ, ಒಂದು ಪೈಸೆ ಹೆಚ್ಚಿಲ್ಲ. ಬೋನಸ್ ಲೆಕ್ಕ ಹಾಕುವುದು ಮೂಲ ವಿಮಾ ಮೊತ್ತದ ಮೇಲೆ ಮಾತ್ರ. ಹಿಂದಿನ ಬೋನಸ್ಸಿನ ಮೇಲೆ ಬೋನಸ್ ಇಲ್ಲ, ಬಡ್ಡಿಯೂ ಇಲ್ಲ. ನಾನು ತರಗತಿಯಲ್ಲಿ ಚಕ್ರಬಡ್ಡಿಯ ಮಹಿಮೆ ಕೊಂಡಾಡುತ್ತಿದ್ದ ಅದೇ ವರ್ಷಗಳಲ್ಲಿ ನನ್ನ ಬೋನಸ್ಸು ಕೊಟ್ಟಿಗೆಯಲ್ಲಿ ಕಟ್ಟಿದ ಕಲ್ಲಿನ ಬಸವನಂತೆ ಇದ್ದಲ್ಲೇ ಇತ್ತು.

ಹಾಗಾದರೆ ನನಗೆ ನಿಜವಾಗಿ ವರ್ಷಕ್ಕೆ ಎಷ್ಟು ಶೇಕಡ ಸಿಕ್ಕಿತು? ಅಂದು ರಾತ್ರಿ ಊಟವಾದ ಮೇಲೆ ಕುಳಿತೆ.

ಮೊದಲು ಸಹೋದ್ಯೋಗಿಯೊಬ್ಬರು ಫೋನಿನಲ್ಲಿ ಹೇಳಿದ ಲೆಕ್ಕ: ಐದು ಲಕ್ಷ 20 ವರ್ಷದಲ್ಲಿ ಒಂಬತ್ತೂವರೆ ಲಕ್ಷವಾಯಿತು, ಚಕ್ರಬಡ್ಡಿಯಲ್ಲಿ 3.3 ಶೇಕಡ, ಮೋಸ ಹೋದಿರಿ ಮೇಷ್ಟ್ರೇ ಎಂದರು. ಅದೂ ತಪ್ಪು. ನಾನು ಐದು ಲಕ್ಷವನ್ನು ಮೊದಲ ದಿನವೇ ಕೊಟ್ಟಿರಲಿಲ್ಲ. ಮೊದಲ ಕಂತು 20 ವರ್ಷ ಅವರ ಬಳಿ ಇತ್ತು, ಎರಡನೆಯದು 19 ವರ್ಷ, 2023ರಲ್ಲಿ ಕಟ್ಟಿದ ಕೊನೆಯ ಕಂತು ಒಂದೇ ವರ್ಷ. ಸರಾಸರಿ ಹತ್ತೂವರೆ ವರ್ಷ. ಸಿಟ್ಟು ಬಂದಿದೆಯೆಂದು ಎದುರಾಳಿಗೆ ಅನ್ಯಾಯ ಮಾಡಬಾರದು.

ಸರಿಯಾದ ಪ್ರಶ್ನೆ ಇದು: ಪ್ರತಿ ಕಂತೂ ತಾನು ಇದ್ದಷ್ಟು ವರ್ಷ ಒಂದೇ ದರದಲ್ಲಿ ಚಕ್ರಬಡ್ಡಿ ಗಳಿಸಿ, ಕೊನೆಗೆ ಎಲ್ಲವೂ ಸೇರಿ 9,50,000 ಆಗಬೇಕಾದರೆ ಆ ದರ ಯಾವುದು? ಇದಕ್ಕೆ ಆಂತರಿಕ ಪ್ರತಿಫಲ ದರ ಎನ್ನುತ್ತಾರೆ. ಸಮೀಕರಣ ಬಿಡಿಸಿ ನೇರವಾಗಿ ಉತ್ತರ ತೆಗೆಯಲು ಬರುವುದಿಲ್ಲ, ಒಂದು ದರ ಊಹಿಸಿ ಹಾಕಿ ನೋಡಬೇಕು. 5 ಶೇಕಡ ಹಾಕಿದೆ, 8,67,981 ಬಂತು. ಸಾಲದು. 6 ಹಾಕಿದೆ, 9,74,818. ಹೆಚ್ಚಾಯಿತು. ನಡುವಿನ 5.5 ಹಾಕಿದರೆ 9,19,652. ಮೇಲೆ ಹೋಗಬೇಕು. 5.75ಕ್ಕೆ 9,46,780, 5.8ಕ್ಕೆ 9,52,316. ತಕ್ಕಡಿ ನಿಂತದ್ದು 5.78ರಲ್ಲಿ.

ಕ್ಯಾಲ್ಕುಲೇಟರ್ ಒತ್ತಿ ಒತ್ತಿ ಸುಸ್ತಾದ ಮೇಲೆ ಮಗಳು ಲ್ಯಾಪ್‌ಟಾಪ್ ತಂದು ಎಕ್ಸೆಲ್ ತೆರೆದು ಕೊಟ್ಟಳು. A1ರಿಂದ A20ರವರೆಗೆ ಪ್ರತಿ ಸಾಲಿನಲ್ಲೂ -25000, A21ರಲ್ಲಿ 950000, ಆಮೇಲೆ ಇಷ್ಟೇ:

```
=IRR(A1:A21)
```

ಮೊದಲ ಸಲ ಕಂತುಗಳ ಮುಂದಿನ ಕಳೆಯುವ ಚಿಹ್ನೆ ಮರೆತೆ, #NUM! ಎಂದು ಮುಖ ತಿರುಗಿಸಿತು. ಎರಡನೆಯ ಸಲ ಮಾಡಿದ ತಪ್ಪು ಇನ್ನೂ ಕೆಟ್ಟದ್ದು, ಏಕೆಂದರೆ ಅದು ತಪ್ಪೆಂದು ಗೊತ್ತೇ ಆಗುವುದಿಲ್ಲ. ಮೆಚ್ಯೂರಿಟಿ ಹಣವನ್ನು ಕೊನೆಯ ಕಂತಿನ ಸಾಲಿನಲ್ಲೇ ಸೇರಿಸಿಬಿಟ್ಟಿದ್ದೆ. ಉತ್ತರ 6.3 ಬಂತು, ಖುಷಿಯೂ ಆಯಿತು. ಆದರೆ ಪ್ರೀಮಿಯಂ ಕಟ್ಟುವುದು ವರ್ಷದ ಆರಂಭದಲ್ಲಿ, ಹಣ ಬರುವುದು ಕೊನೆಯ ಕಂತು ಕಟ್ಟಿ ಒಂದು ವರ್ಷ ಕಳೆದ ಮೇಲೆ. ಆ ಒಂದು ಸಾಲು ಕೆಳಗಿಳಿಸಿದ್ದೇ ಅರ್ಧ ಶೇಕಡ ಕರಗಿತು. ನಡುವೆ 2017ರಿಂದ ಜಿಎಸ್‌ಟಿ ಎಂದು ಸೇರಿಕೊಂಡ ಚಿಲ್ಲರೆಯನ್ನು ನಾನು ಬಿಟ್ಟಿದ್ದೇನೆ. ಅದನ್ನೂ ಹಾಕಿದರೆ ದರ ಇನ್ನು ಕೂದಲೆಳೆಯಷ್ಟು ಇಳಿಯುತ್ತದೆ.

5.78 ಏನು ಕಡಿಮೆಯೇ, ತೆರಿಗೆಯೂ ಇಲ್ಲವಲ್ಲ ಎಂದು ಭಾವ ಮರುದಿನ ವಾದಿಸಿದರು. ತೆರಿಗೆ ಇಲ್ಲದ ಇನ್ನೊಂದು ಜಾಗ ನಮ್ಮ ಬೀದಿಯ ಕೊನೆಯ ಅಂಚೆ ಕಚೇರಿಯಲ್ಲೇ ಇತ್ತು, ಪಿಪಿಎಫ್. ಹದಿನೈದು ವರ್ಷದ ಖಾತೆ, ಮತ್ತೆ ಐದು ವರ್ಷ ಮುಂದುವರಿಸಬಹುದು, ಅಲ್ಲಿಗೆ ಸರಿಯಾಗಿ ಇಪ್ಪತ್ತು. 2004ರಲ್ಲಿ ಅದರ ಬಡ್ಡಿ 8 ಶೇಕಡ. 2012–13ರಲ್ಲಿ 8.8ಕ್ಕೆ ಏರಿತ್ತು. 2020ರ ಏಪ್ರಿಲ್‌ನಿಂದ 7.1. ಆ ಇಪ್ಪತ್ತು ವರ್ಷದಲ್ಲಿ ಅದಕ್ಕಿಂತ ಕೆಳಗೆ ಹೋಗಲೇ ಇಲ್ಲ.

"ಅದರಲ್ಲಿ ಜೀವ ವಿಮೆ ಇರುವುದಿಲ್ಲವಲ್ಲ?" ಎಂದರು. ಒಪ್ಪಿದೆ, ನ್ಯಾಯವಾದ ಪ್ರಶ್ನೆ. ಹಾಗಾದರೆ ಸತ್ತರೆ ಮಾತ್ರ ಹಣ ಕೊಡುವ ಐದು ಲಕ್ಷದ ಬರೀ ಟರ್ಮ್ ವಿಮೆಗೆಂದು ವರ್ಷಕ್ಕೆ 2,000 ರೂಪಾಯಿ ತೆಗೆದಿಡೋಣ. ಉಳಿದ 23,000ವನ್ನು ಇಪ್ಪತ್ತೂ ವರ್ಷ ಅತಿ ಕಡಿಮೆಯ ದರವಾದ 7.1ರಲ್ಲೇ ಇಟ್ಟೆವು ಎಂದುಕೊಳ್ಳೋಣ. ಆಗಲೂ 10,20,000 ದಾಟುತ್ತದೆ. 8 ಶೇಕಡದಲ್ಲಿ 11,36,000. ನಿಜವಾದ ಮೊತ್ತ ಇವೆರಡರ ಆಸುಪಾಸಿನಲ್ಲೇ ಇರುತ್ತಿತ್ತು. ಮನೆಯ ಮೇಲೆ ಒಂದು ಕೋಣೆ ಕಟ್ಟಿಸಲು ಕಡಿಮೆ ಬಿದ್ದದ್ದು ಒಂದೂವರೆ ಲಕ್ಷ. ಆ ಕೋಣೆ ಈಗ ತಗಡಿನ ಸೂರಿನ ಕೆಳಗೆ ನಿಂತಿದೆ.

ಮತ್ತೆ ಆ ದುಡ್ಡು ಎಲ್ಲಿ ಹೋಯಿತು? ವಿಮಾ ಕಾಯ್ದೆಯೇ ಆ ಕಾಲದಲ್ಲಿ ಏಜೆಂಟರ ಕಮಿಷನ್ನಿಗೆ ಗರಿಷ್ಠ ಮಿತಿ ಹಾಕಿತ್ತು: ಮೊದಲ ವರ್ಷದ ಪ್ರೀಮಿಯಂನ 35 ಶೇಕಡ, ಮುಂದಿನ ಎರಡು ವರ್ಷ 7.5, ಆಮೇಲೆ 5. ನನ್ನ ಮೊದಲ ಕಂತಿಗೆ ಆ ಮಿತಿಯನ್ನು ಹಚ್ಚಿದರೆ 8,750 ರೂಪಾಯಿ. ಇಪ್ಪತ್ತು ವರ್ಷ ಬೆಳೆಯಬೇಕಿದ್ದ ಬೀಜದ ಭತ್ತದಲ್ಲಿ ಮೂರನೆಯ ಒಂದಕ್ಕಿಂತ ಹೆಚ್ಚು ಪಾಲು ಗದ್ದೆಗೆ ಬೀಳುವ ಮೊದಲೇ ಖಾಲಿ! ಭಾವ ದುಡಿದದ್ದಕ್ಕೆ ಕೂಲಿ ಬೇಡವೆನ್ನುವುದಿಲ್ಲ. ಆದರೆ ಆ ಸಂಖ್ಯೆಯನ್ನು ಅವರು ಒಂದು ದಿನವೂ ನನ್ನೆದುರು ಬಾಯಿಬಿಡಲಿಲ್ಲ.

ಇಲ್ಲಿ ಒಂದು ಮಾತು ಹೇಳಲೇಬೇಕು, ಏಕೆಂದರೆ ನನ್ನ ಲೆಕ್ಕ ನೋಡಿದ ತಂಗಿ ಸಿಟ್ಟಿನಲ್ಲಿ ತನ್ನ ಪಾಲಿಸಿಯನ್ನು ಸರೆಂಡರ್ ಮಾಡಲು ಹೊರಟಿದ್ದಳು. ಅವಳದೂ ಇಂಥದ್ದೇ ಪಾಲಿಸಿ, ಹದಿನೈದು ವರ್ಷ ಮುಗಿದಿದೆ, ಸರೆಂಡರ್ ಮಾಡಿದರೆ 4,30,000 ಕೊಡುತ್ತೇವೆ ಎಂದಿದ್ದರು. ಅವಳ ಲೆಕ್ಕ ಇವತ್ತಿನಿಂದ ಶುರುವಾಗಬೇಕು, ಕಟ್ಟಿದ್ದು ಕಟ್ಟಾಯಿತು. ಇಂದು 4,30,000 ಬಿಡುತ್ತಾಳೆ, ಜೊತೆಗೆ ಇನ್ನು ಐದು ಕಂತು ಕಟ್ಟುತ್ತಾಳೆ, ಐದು ವರ್ಷದ ಕೊನೆಗೆ ನನ್ನಂತೆಯೇ 9,50,000 ಬಂದರೆ ದರ 12 ಶೇಕಡ ದಾಟುತ್ತದೆ. ಬೋನಸ್ ಸ್ವಲ್ಪ ತಗ್ಗಿದರೂ ಅದನ್ನು ಬಿಡುವುದು ದಡ್ಡತನ. ಪಾಲಿಸಿ ಕೆಟ್ಟದ್ದಾದರೂ ಸರೆಂಡರ್ ಮೌಲ್ಯ ಅದಕ್ಕಿಂತ ಕೆಟ್ಟದ್ದು. ಹಾಗೆ ಕಟ್ಟಿಹಾಕಿರುತ್ತಾರೆ. "ಕಟ್ಟಮ್ಮಾ, ಐದೇ ವರ್ಷ" ಎಂದೆ. ಅವಳಿಗೆ ನನ್ನ ಮೇಲೂ ಸಿಟ್ಟು.

ಇಷ್ಟೆಲ್ಲ ಆದ ಮೇಲೂ ಭಾವ ಸುಮ್ಮನಾಗಲಿಲ್ಲ. ಬಂದ ಹಣದಲ್ಲಿ ಮಗಳ ಹೆಸರಿಗೆ ಹೊಸ ಪಾಲಿಸಿ ಮಾಡಿಸಿ ಎಂದು ಒಂದು ಹಾಳೆ ಇಟ್ಟರು. ವರ್ಷಕ್ಕೆ 50,000, ಇಪ್ಪತ್ತು ವರ್ಷ. ಎರಡು ಅಂಕಣಗಳು: ಒಂದರ ತಲೆಯ ಮೇಲೆ 4 ಶೇಕಡ, ಇನ್ನೊಂದರ ಮೇಲೆ 8 ಶೇಕಡ. ಭಾವ ಎಂಟರ ಮೇಲೆ ಬೆರಳಿಟ್ಟು "ನೋಡಿ, ಇದು ಪಿಪಿಎಫ್‌ಗಿಂತ ಹೆಚ್ಚು" ಎಂದರು. ಅಂಕಣದ ಕೊನೆಯಲ್ಲಿ 18,50,000 ಎಂದಿತ್ತು. ಲ್ಯಾಪ್‌ಟಾಪ್ ಮೇಜಿನ ಮೇಲೆಯೇ ಇತ್ತು. ಇಪ್ಪತ್ತು ಸಲ -50000, ಕೆಳಗೆ 1850000. ಉತ್ತರ 5.55.

"ಎಂಟು ಎಲ್ಲಿ ಹೋಯಿತು ಭಾವ?"

ಆ ಎಂಟು ನನಗೆ ಸಿಗುವ ದರವೇ ಅಲ್ಲ. ನನ್ನಂಥವರ ಹಣವನ್ನೆಲ್ಲ ಹೂಡಿ ಕಂಪನಿ ಗಳಿಸಬಹುದು ಎಂದು ಊಹಿಸಿಕೊಂಡ ದರ. ಅದರಲ್ಲಿ ಕಮಿಷನ್, ಖರ್ಚು, ಸತ್ತವರಿಗೆ ಕೊಡುವ ಪಾಲು ಎಲ್ಲ ಕಳೆದು ಉಳಿದದ್ದು ನನಗೆ. ಹಾಳೆಯ ಕೆಳಗೆ ಇರುವೆ ಸಾಲಿನಂಥ ಅಕ್ಷರದಲ್ಲಿ ಅದನ್ನು ಬರೆದೂ ಇದ್ದರು, ಇದಕ್ಕೂ ಖಾತ್ರಿಯಿಲ್ಲ ಎಂಬ ಮಾತಿನ ಜೊತೆಗೆ. ಭಾವ ಕನ್ನಡಕ ಹಾಕಿಕೊಂಡು ಓದಿದರು. ಅವರೂ ಅದನ್ನು ಮೊದಲ ಸಲ ಓದುತ್ತಿದ್ದರು ಎಂದು ನನಗೆ ಈಗಲೂ ಅನುಮಾನ. ಆಮೇಲೆ ಹಾಳೆ ಮಡಚಿ ಚೀಲಕ್ಕೆ ಹಾಕಿಕೊಂಡು, ಗೋಡೆಯ ಮೇಲಿದ್ದ ಕಂಪನಿಯ ಕ್ಯಾಲೆಂಡರಿನತ್ತ ನೋಡಿ, "ಪ್ರತಿ ವರ್ಷ ಕ್ಯಾಲೆಂಡರ್ ಆದರೂ ತಂದು ಕೊಟ್ಟಿದ್ದೇನಲ್ಲ ಮೇಷ್ಟ್ರೇ" ಎಂದರು.

ಅದೂ ನಿಜವೇ. ಅವರು ಹೋದ ಮೇಲೆ ಕ್ಯಾಲೆಂಡರಿಗೆ ವರ್ಷಕ್ಕೆ 50 ರೂಪಾಯಿ ಎಂದು ಹಿಡಿದು ಪ್ರತಿ ಕಂತಿನಿಂದಲೂ ಕಳೆದೆ. 5.80 ಬಂತು.