ಸೆಪ್ಟೆಂಬರ್‌ಗೆ ಶನಿಕಾಟ, ತಿಂಗಳ ಕೊನೆಗೆ ಗುರುಬಲ

ಷೇರುಪೇಟೆಯ ಹೊಸ ಪಂಚಾಂಗ ಬಂದಿದೆ. ಇದನ್ನು ಬರೆದವರು ಜೋಯಿಸರಲ್ಲ, ಎಕ್ಸೆಲ್ ಬಲ್ಲವರು. ಅಡ್ಡಕ್ಕೆ ಹನ್ನೆರಡು ತಿಂಗಳು, ಉದ್ದಕ್ಕೆ ಹತ್ತು ವರ್ಷ. ಸೂಚ್ಯಂಕ ಏರಿದ ತಿಂಗಳ ಚೌಕಕ್ಕೆ ಹಸಿರು, ಇಳಿದ ತಿಂಗಳಿಗೆ ಕೆಂಪು. ಕೆಳಗೆ ದಪ್ಪ ಅಕ್ಷರದಲ್ಲಿ ಒಂದು ಸಾಲು: ‘ಈ ತಿಂಗಳು ಹತ್ತರಲ್ಲಿ ಎಂಟು ಸಲ ಏರಿದೆ. ಯಶಸ್ಸಿನ ಸಾಧ್ಯತೆ ಶೇ 80.’

ಶೇ 80 ಅಂದ್ರೆ ಸುಮ್ನೇನಾ? ಡಾಕ್ಟರು ಶೇ 80 ಗ್ಯಾರಂಟಿ ಅಂದರೂ ಎರಡನೇ ಅಭಿಪ್ರಾಯ ಕೇಳುವ ನಾವು, ಈ ಚೌಕಗಳ ಮುಂದೆ ಮಾತ್ರ ಕೈಮುಗಿದು ನಿಲ್ಲುತ್ತೇವೆ.

ಹಾಗಾದರೆ ಒಂದು ಆಟ ಆಡೋಣ. ಯಾವ ತಿಂಗಳಿಗೂ ಯಾವ ಗುಣವೂ ಇಲ್ಲ ಅಂದುಕೊಳ್ಳಿ. ಜನವರಿ, ಜೂನ್, ನವೆಂಬರ್ ಎಲ್ಲ ಒಂದೇ. ಅಮೆರಿಕದ ಎಸ್ ಆ್ಯಂಡ್ ಪಿ 500 ಸೂಚ್ಯಂಕ ದೀರ್ಘ ಕಾಲದಲ್ಲಿ ಹತ್ತಕ್ಕೆ ಸುಮಾರು ಆರು ತಿಂಗಳು ಏರುತ್ತದೆ. ಅಲ್ಲಿಗೆ ಶೇ 60 ಸಲ ಹಸಿರು ಬೀಳುವ ಒಂದು ನಾಣ್ಯ ಸಿಕ್ಕಿತು. ಅದನ್ನು ಹತ್ತು ಸಲ ಚಿಮ್ಮಿಸಿದರೆ ಎಂಟು ಅಥವಾ ಜಾಸ್ತಿ ಸಲ ಹಸಿರು ಬೀಳುವ ಸಾಧ್ಯತೆ ಶೇ 17ರ ಆಸುಪಾಸು. ಒಂದೇ ನಾಣ್ಯಕ್ಕೆ ಇದು ಅಪರೂಪ ಅನ್ನಿಸಬಹುದು. ಆದರೆ ಕೋಷ್ಟಕದಲ್ಲಿರುವುದು ಒಂದಲ್ಲ, ಹನ್ನೆರಡು ನಾಣ್ಯ. ಹನ್ನೆರಡರಲ್ಲಿ ಸರಾಸರಿ ಎರಡು ತಿಂಗಳು ‘ಶೇ 80’ ಆಗಿಯೇ ತೀರುತ್ತವೆ. ಒಂದಾದರೂ ಹಾಗಾಗುವ ಸಾಧ್ಯತೆ ಶೇ 89.

ಅಂದರೆ ಶುಭ ಮಾಸ ಸಿಗುವುದು ವಿಶೇಷವಲ್ಲ. ಸಿಗದಿದ್ದರೆ ವಿಶೇಷ. ಪೂರ್ತಿ ಲಾಟರಿಯಿಂದ ಮಾಡಿದ ಕೋಷ್ಟಕದಲ್ಲೂ ಪಂಡಿತರಿಗೆ ಎರಡು ಶುಭ ಮಾಸ, ಒಂದೆರಡು ಅಶುಭ ಮಾಸ ಬಹುತೇಕ ಖಚಿತ. ಅವರ ಕಸುಬಿಗೆ ಇಷ್ಟು ಬಂಡವಾಳ ಧಾರಾಳವಾಗಿ ಸಾಕು.

ಇನ್ನೊಂದು ವಿಷಯ. ಹತ್ತಕ್ಕೆ ಎಂಟು ಅನ್ನುವುದನ್ನು ಹೋಲಿಸಬೇಕಾದ್ದು ಐದಕ್ಕೆ ಅಲ್ಲ, ಆರಕ್ಕೆ. ಪೇಟೆ ಹೇಗೂ ಆರು ಸಲ ಏರುತ್ತಿತ್ತು. ಪಂಡಿತರು ಕಂಡುಹಿಡಿದದ್ದು ಉಳಿದ ಎರಡನ್ನು. ಆ ಎರಡಕ್ಕೆ ಆಧಾರ ಹತ್ತೇ ಹತ್ತು ವರ್ಷ. ಇಪ್ಪತ್ತು ವರ್ಷ ಹಿಂದಕ್ಕೆ ಹೋಗಿ ನೋಡಿ ಅಂದರೆ, ‘ಆಗಿನ ಪೇಟೆ ಬೇರೆ, ಈಗಿನ ಪೇಟೆ ಬೇರೆ’ ಅನ್ನುತ್ತಾರೆ. ಸರಿ, ಹಾಗಾದರೆ ಮುಂದಿನ ಪೇಟೆ? ಅದು ಮಾತ್ರ ಕಳೆದ ಹತ್ತು ವರ್ಷದ ಹಾಗೇ ಇರುತ್ತದಂತೆ.

ಅಶುಭ ಮಾಸಗಳ ಪೈಕಿ ಸೆಪ್ಟೆಂಬರ್‌ಗೆ ಇರುವಷ್ಟು ಕೆಟ್ಟ ಹೆಸರು ಬೇರೆ ಯಾವುದಕ್ಕೂ ಇಲ್ಲ. ಪಾಪ, ಅದಕ್ಕೆ ಸ್ವಲ್ಪ ಕಾರಣವೂ ಇದೆ. 1928ರಿಂದ ಲೆಕ್ಕ ಹಾಕಿದರೆ ಎಸ್ ಆ್ಯಂಡ್ ಪಿ 500ಕ್ಕೆ ಸರಾಸರಿಯಲ್ಲಿ ಅತಿ ಕೆಟ್ಟ ತಿಂಗಳು ಅದೇ, ಸುಮಾರು ಶೇ 1ರಷ್ಟು ಇಳಿತ. ಆದರೆ ಆ ಸರಾಸರಿಯ ಹೊಟ್ಟೆಯೊಳಗೆ ಏನಿದೆ ನೋಡಿ. 1931ರ ಸೆಪ್ಟೆಂಬರ್ ಅಲ್ಲಿ ಕೂತಿದೆ. ಮಹಾ ಆರ್ಥಿಕ ಕುಸಿತದ ನಡುಮಧ್ಯೆ ಆ ಒಂದೇ ತಿಂಗಳಲ್ಲಿ ಶೇ 30ರ ಹತ್ತಿರ ಬಿತ್ತು. ಅದೊಂದನ್ನು ತೆಗೆದರೆ ಸುಮಾರು ನೂರು ವರ್ಷದ ಸರಾಸರಿಯ ಕಾಲು ಭಾಗಕ್ಕೂ ಜಾಸ್ತಿ ಕರಗುತ್ತದೆ. ಅಮೆರಿಕದ ಲೀಮನ್ ಬ್ರದರ್ಸ್ ಬ್ಯಾಂಕ್ ಮುಳುಗಿದ 2008ರ ಸೆಪ್ಟೆಂಬರ್ ಇದೆ, ಅವಳಿ ಗೋಪುರಗಳ ಮೇಲೆ ದಾಳಿಯಾದ 2001ರ ಸೆಪ್ಟೆಂಬರ್ ಇದೆ. ಇವೆಲ್ಲ ಕ್ಯಾಲೆಂಡರ್ ನೋಡಿಕೊಂಡು ಆದ ಘಟನೆಗಳೇ? ಉಳಿದಂತೆ, ಈ ಭಯಂಕರ ತಿಂಗಳು ಹತ್ತಿರ ಹತ್ತಿರ ಅರ್ಧದಷ್ಟು ವರ್ಷ ಏರಿಯೇ ಇದೆ.

2020, 21, 22, 23 ಹೀಗೆ ನಾಲ್ಕು ವರ್ಷ ಸಾಲಾಗಿ ಸೆಪ್ಟೆಂಬರ್ ಇಳಿಯಿತು. ಪಂಡಿತರ ಮೀಸೆ ಮೇಲಕ್ಕೆ ಹೋಯಿತು. ಸೆಪ್ಟೆಂಬರ್‌ಗೆ ಮುಂಚೆ ಮಾರಿಬಿಡಿ ಅನ್ನುವುದು ಸಿದ್ಧಾಂತದಿಂದ ಸಂಪ್ರದಾಯಕ್ಕೆ ಬಡ್ತಿ ಪಡೆಯಿತು. 2024ರ ಸೆಪ್ಟೆಂಬರ್ ಏರಿತು. 2025ರದ್ದು ಇನ್ನೂ ಜಾಸ್ತಿ ಏರಿತು. ಪಂಚಾಂಗ ತಪ್ಪಿತೇ? ಎಲ್ಲಾದರೂ ಉಂಟೇ! ‘ಎಲ್ಲರಿಗೂ ಗೊತ್ತಾಗಿಬಿಟ್ಟಿತು, ಅದಕ್ಕೇ ಕೆಲಸ ಮಾಡಲಿಲ್ಲ’ ಅಂದರು. ಎಲ್ಲರಿಗೂ ಹೇಳಿದವರು ಯಾರು ಸ್ವಾಮಿ?

ಇಲ್ಲಿ ಒಂದು ಬೆಣ್ಣೆ ಪುರಾಣ ಹೇಳಲೇಬೇಕು. ಡೇವಿಡ್ ಲೈನ್‌ವೆಬರ್ ಎಂಬ ಅಂಕಿ ಅಂಶದ ಮನುಷ್ಯ 1990ರ ದಶಕದಲ್ಲಿ ಬೇಕಂತಲೇ ಒಂದು ಕುಚೋದ್ಯ ಮಾಡಿದರು. ದೇಶ ದೇಶಗಳ ಅಂಕಿ ಅಂಶ ಹುಡುಕಿ, ಎಸ್ ಆ್ಯಂಡ್ ಪಿ 500ರ ಜತೆ ಚೆನ್ನಾಗಿ ಕೂಡಿ ಬರುವುದು ಯಾವುದು ಅಂತ ನೋಡಿದರು. ಸಿಕ್ಕಿದ್ದು ಬಾಂಗ್ಲಾದೇಶದ ಬೆಣ್ಣೆ ಉತ್ಪಾದನೆ. ಸೂಚ್ಯಂಕದ ಏರಿಳಿತದ ಶೇ 75ರಷ್ಟನ್ನು ಬೆಣ್ಣೆಯೊಂದೇ ‘ವಿವರಿಸಿತು’. ಅಮೆರಿಕದ ಚೀಸ್ ಮತ್ತು ಕುರಿಗಳ ಸಂಖ್ಯೆ ಸೇರಿಸಿದ ಮೇಲೆ ಲೆಕ್ಕ ಶೇ 99 ಮುಟ್ಟಿತು. ಸಾಕಷ್ಟು ಹುಡುಕಿದರೆ ಏನು ಬೇಕಾದರೂ ಸಿಗುತ್ತದೆ ಅಂತ ತೋರಿಸಲು ಅವರು ಮಾಡಿದ್ದು ಅದು. ಆಮೇಲೆ ಎಷ್ಟೋ ಜನ ಗಂಭೀರವಾಗಿ ಈ ಬೆಣ್ಣೆಯ ಹೊಸ ಅಂಕಿ ಎಲ್ಲಿ ಸಿಗುತ್ತದೆ ಅಂತ ಅವರನ್ನೇ ಕೇಳಿದರಂತೆ. ನನಗೆ ಅನುಮಾನ, ಆ ಜನರೇ ಈಗ ಪಂಚಾಂಗ ಬರೆಯುತ್ತಿದ್ದಾರೆ.

ಈಗ ತಿಂಗಳ ಕೊನೆಯ ವಿಷಯಕ್ಕೆ ಬರೋಣ. ಇಲ್ಲಿ ಸ್ವಲ್ಪ ನಗು ತಡೆದುಕೊಳ್ಳಬೇಕು, ಏಕೆಂದರೆ ಪಂಚಾಂಗದಲ್ಲಿ ಗಟ್ಟಿಯಾದ ಪುಟ ಇದೊಂದೇ. ಲಕೋನಿಶೋಕ್ ಮತ್ತು ಸ್ಮಿಟ್ ಎಂಬ ಇಬ್ಬರು ಸಂಶೋಧಕರು 1988ರಲ್ಲಿ ಡೌ ಜೋನ್ಸ್ ಸೂಚ್ಯಂಕದ 90 ವರ್ಷದ ಲೆಕ್ಕ ತೆಗೆದರು. ತಿಂಗಳ ಕೊನೆಯ ಒಂದು ದಿನ, ಮುಂದಿನ ತಿಂಗಳ ಮೊದಲ ಮೂರು ದಿನ. ಈ ನಾಲ್ಕು ದಿನಗಳಲ್ಲಿ ಸೂಚ್ಯಂಕ ಸರಾಸರಿ ಶೇ 0.47ರಷ್ಟು ಏರಿತ್ತು. ಮಾಮೂಲಿ ನಾಲ್ಕು ದಿನದ ಏರಿಕೆ ಶೇ 0.06 ಮಾತ್ರ. ಇದಕ್ಕೆ ಒಪ್ಪುವಂಥ ಕಾರಣಗಳೂ ಉಂಟು. ಸಂಬಳ ಬರುತ್ತದೆ, ಪಿಂಚಣಿ ನಿಧಿಗೆ ಹಣ ಸೇರುತ್ತದೆ, ಫಂಡ್‌ಗಳು ತಮ್ಮಲ್ಲಿರುವ ಷೇರುಗಳ ಪಾಲನ್ನು ಸರಿ ಹೊಂದಿಸುತ್ತವೆ.

‘ನೋಡಿದ್ರಾ?’ ಅಂತ ಪಂಡಿತರು ತೊಡೆ ತಟ್ಟುತ್ತಾರೆ. ‘ತಿಂಗಳ ಕೊನೆಗೆ ಕೊಂಡು ಮೂರನೇ ದಿನ ಮಾರಿದರೆ ಆಯ್ತು.’

ಆಯ್ತು. ಕೊಂಡೇ ನೋಡೋಣ. ಸೂಚ್ಯಂಕ ದಿನಕ್ಕೆ ಹೆಚ್ಚು ಕಡಿಮೆ ಶೇ 1ರಷ್ಟು ಅತ್ತಿತ್ತ ಹೊಯ್ದಾಡುತ್ತದೆ ಅಂತ ಇಟ್ಟುಕೊಂಡರೆ, ಏರಿಳಿತ ಒಂದಕ್ಕೊಂದು ಒಂದಿಷ್ಟು ವಜಾ ಆಗಿ ನಾಲ್ಕು ದಿನಕ್ಕೆ ಆ ಹೊಯ್ದಾಟ ಶೇ 2. ನಿಮ್ಮ ಕೈಯಲ್ಲಿರುವ ಗುಟ್ಟು ಶೇ 0.47. ಅಂದರೆ ಗುಟ್ಟು ಪೂರ್ತಿ ನಿಜವಾಗಿದ್ದು, ಇವತ್ತಿಗೂ ಒಂದಿಷ್ಟೂ ಸವೆಯದೆ ಇದ್ದರೂ, ಹತ್ತರಲ್ಲಿ ನಾಲ್ಕು ಸಲ ನಿಮಗೆ ನಷ್ಟ. ವರ್ಷವಿಡೀ ಹನ್ನೆರಡು ಸಲ ತಪ್ಪದೆ ಮಾಡಿದರೂ ಐದು ವರ್ಷಕ್ಕೊಮ್ಮೆ ಪೂರ್ತಿ ವರ್ಷವೇ ಕೆಂಪು. ಗುಟ್ಟು ಅರ್ಧ ಸವೆದಿದ್ದರೆ ಮೂರು ವರ್ಷಕ್ಕೊಮ್ಮೆ. ಇದು ಬ್ರೋಕರೇಜ್, ತೆರಿಗೆ, ಕೊಳ್ಳುವ ಮಾರುವ ಬೆಲೆಯ ಅಂತರ ಯಾವುದನ್ನೂ ಕಳೆಯುವ ಮುಂಚಿನ ಲೆಕ್ಕ. ಒಂದು ಸುತ್ತಿಗೆ ಶೇ 0.1 ಖರ್ಚು ಅಂದರೂ ವರ್ಷಕ್ಕೆ ಶೇ 1.2 ಹೋಯಿತು. ಬ್ರೋಕರ್‌ಗೆ ಮಾತ್ರ ವರ್ಷದ ಹನ್ನೆರಡು ತಿಂಗಳೂ ಶುಭ ಮಾಸ.

ಇಷ್ಟಾದ ಮೇಲೂ ಕಿಟಕಿಯ, ಅಂದರೆ ಆರಿಸಿಕೊಂಡ ದಿನಗಳ, ತಕರಾರು ಉಳಿಯುತ್ತದೆ. ಕೊನೆಯ ಒಂದು ದಿನವೇ ಏಕೆ, ಎರಡೇಕಲ್ಲ? ಮೊದಲ ಮೂರೇ ಏಕೆ, ಐದೇಕಲ್ಲ? ಹಿಂದೆ ಒಂದರಿಂದ ಐದು, ಮುಂದೆ ಒಂದರಿಂದ ಐದು ಅಂತ ಹಿಡಿದರೆ 25 ಕಿಟಕಿ. ಅದಕ್ಕೆ ವಾರದ ದಿನ, ರಜೆಯ ಹಿಂದಿನ ದಿನ, ತಿಂಗಳ ಮೊದಲ ಅರ್ಧ ಅಂತ ಸೇರಿಸಿಕೊಂಡು ಹೋದರೆ ನಿಯಮಗಳು ಸಾವಿರಾರು. ಸಲಿವನ್, ಟಿಮ್ಮರ್‌ಮನ್, ವೈಟ್ ಎಂಬ ಮೂವರು 2001ರಲ್ಲಿ ಮಾಡಿದ್ದು ಇದೇ. ಯಾರು ಬೇಕಾದರೂ ಪರೀಕ್ಷೆ ಮಾಡಿ ನೋಡಿರಬಹುದಾದ ಸಾವಿರಾರು ಕ್ಯಾಲೆಂಡರ್ ನಿಯಮಗಳನ್ನೂ ಲೆಕ್ಕಕ್ಕೆ ತೆಗೆದುಕೊಂಡರು. ಒಂಟಿಯಾಗಿ ನೋಡಿದಾಗ ಭರ್ಜರಿ ಕಂಡ ನಿಯಮ, ಅಷ್ಟು ಜನರ ನಡುವೆ ನಿಲ್ಲಿಸಿದಾಗ ಗುಂಪಿನಲ್ಲಿ ಗೋವಿಂದ ಆಗಿಹೋಯಿತು. ಪಂಡಿತರ ಕಿಟಕಿಯನ್ನು ಒಂದು ದಿನ ಆಚೀಚೆ ಸರಿಸಿ ನೋಡಿ. ಲಾಭ ಒಂದಿಷ್ಟು ಇಳಿದರೆ ಅದು ಸಹಜ. ಮಾಯವೇ ಆದರೆ ಆ ಕಿಟಕಿಯನ್ನು ಹಳೇ ಚಾರ್ಟ್‌ಗೆ ಅಳತೆ ಕೊಟ್ಟು ಹೊಲಿಸಿದ್ದು ಅಂತಲೇ ಅರ್ಥ.

ಕೊನೆಗೆ ಪಂಚಾಂಗದ ಮಹಾಪರ್ವ, ಸಾಂತಾ ಕ್ಲಾಸ್ ರ‍್ಯಾಲಿ. ವರ್ಷದ ಕೊನೆಯ ಐದು ವಹಿವಾಟು ದಿನ, ಹೊಸ ವರ್ಷದ ಮೊದಲ ಎರಡು ದಿನ ಪೇಟೆ ಏರುತ್ತದೆ ಅನ್ನುವ ನಂಬಿಕೆ. ಕೋಷ್ಟಕದಲ್ಲಿ 2018ರ ಸಾಲು ನೋಡಿ, ಹಸಿರು, ಶೇ 1.3 ಏರಿಕೆ. ನಿಯಮ ಗೆದ್ದಿತು ಅಂತ ದಾಖಲೆ.

ಆ ಹಸಿರು ಚೌಕದ ಒಳಗೆ ಬದುಕಿದವರ ಕಥೆ ಬೇರೆ. ಡಿಸೆಂಬರ್ 21ರಂದು ಎಸ್ ಆ್ಯಂಡ್ ಪಿ 2,416ರಲ್ಲಿ ಮುಗಿದಿತ್ತು. ಪಂಚಾಂಗ ನಂಬಿದವರು ಅಲ್ಲೇ ಕೊಂಡರು. ಜವಾಬ್ದಾರಿಯುಳ್ಳವರಲ್ಲವೇ, ಶೇ 2 ಬಿದ್ದರೆ ತಾನಾಗಿ ಮಾರಿಬಿಡುವ ಸ್ಟಾಪ್ ಲಾಸ್ ಕೂಡ ಹಾಕಿದರು ಅಂದುಕೊಳ್ಳಿ. 24ನೇ ತಾರೀಕು, ಅಂದರೆ ರ‍್ಯಾಲಿಯ ಮೊದಲ ದಿನವೇ ಸೂಚ್ಯಂಕ ಶೇ 2.7 ಬಿದ್ದು 2,351ಕ್ಕೆ ಬಂತು. ಸ್ಟಾಪ್ ಲಾಸ್ ಹೊಡೆಯಿತು, ಅವರು ಹೊರಗೆ. 25 ಕ್ರಿಸ್‌ಮಸ್ ರಜೆ. 26ರಂದು ಒಂದೇ ದಿನ ಶೇ 5 ಏರಿಕೆ. ಸಾಂತಾ ಬಂದ, ಇವರು ಮನೆಯಲ್ಲಿರಲಿಲ್ಲ. ಸ್ಟಾಪ್ ಲಾಸ್ ಹಾಕದೆ ಕೂತವರಿಗೆ ಲಾಭವೇನೋ ಬಂತು. ಆದರೆ 24ರ ಸಂಜೆ, ಆ ತಿಂಗಳು ಅದಾಗಲೇ ಶೇ 14ಕ್ಕೂ ಜಾಸ್ತಿ ಬಿದ್ದಿದ್ದ ಪೇಟೆಯಲ್ಲಿ, ಹಸಿರು ಚೌಕದ ಚಿತ್ರ ನೆನೆದು ಕೂರುವ ಎದೆಗಾರಿಕೆ ಎಷ್ಟು ಜನಕ್ಕಿದ್ದೀತು? ಚೌಕದಲ್ಲಿ ಮೊದಲ ಬೆಲೆ, ಕೊನೆಯ ಬೆಲೆ ಎರಡೇ ಇರುತ್ತವೆ. ನಡುವಿನ ದಾರಿಗೆ ಬಣ್ಣವಿಲ್ಲ. ಅಂದಹಾಗೆ, ಪಂಚಾಂಗದಲ್ಲಿ ಡಿಸೆಂಬರ್ ಕೂಡ ಶುಭ ಮಾಸವೇ. ಆ ಡಿಸೆಂಬರ್ ಶೇ 9ರಷ್ಟು ಇಳಿದು ಮುಗಿಯಿತು.

ಒಂದು ವೇಳೆ ಸಾಂತಾ ಬರದೇ ಹೋದರೆ? ಅದಕ್ಕೂ ಪಂಚಾಂಗದಲ್ಲಿ ಪರಿಹಾರ ಬರೆದಿದೆ. ರ‍್ಯಾಲಿ ಬಂದರೆ ಪೇಟೆ ಗಟ್ಟಿ. ಬರದಿದ್ದರೆ ಮುಂದೆ ಕೆಟ್ಟ ಕಾಲವಿದೆ ಅನ್ನುವ ಎಚ್ಚರಿಕೆ, ಅದೂ ಬೆಲೆಬಾಳುವ ಸಂಕೇತವೇ. ಎಚ್ಚರಿಕೆ ಕೊಟ್ಟ ಮೇಲೂ ಪೇಟೆ ಏರಿದರೆ, ಅಷ್ಟರಲ್ಲಿ ಜನವರಿಯ ಪುಟ ತೆರೆದಿರುತ್ತದೆ. ಅದಕ್ಕೆ ಬೇರೆಯೇ ನಿಯಮ, ಬೇರೆಯೇ ಕಿಟಕಿ, ಶೇ 80 ಮಾತ್ರ ಅದೇ.